ರಜೆ ಅರ್ಜಿಯ ಮೊದಲು: ಸಾಂದರ್ಭಿಕ, ಗಳಿಕೆ, ಅನಾರೋಗ್ಯ ಮತ್ತು ವೇತನರಹಿತ ರಜೆಗಳ ಲೆಕ್ಕ

ರಾಜಾಜಿನಗರ ಕೈಗಾರಿಕಾ ವಸಾಹತು, ಕಾಮಾಕ್ಷಿಪಾಳ್ಯ, ಮಾಗಡಿ ರಸ್ತೆ ಹಾಗೂ ಕೆಂಗೇರಿ ಕಡೆಯ ಸಣ್ಣ ಕಾರ್ಖಾನೆಗಳಲ್ಲಿ ಪ್ರತ್ಯೇಕ ಸಿಬ್ಬಂದಿ ವಿಭಾಗ ಇರುವುದು ಅಪರೂಪ. ಹಾಜರಿ ಪುಸ್ತಕ, ಸಂಬಳದ ಪಟ್ಟಿ, ಭವಿಷ್ಯನಿಧಿ, ಇ.ಎಸ್.ಐ. ಎಲ್ಲವೂ ಒಬ್ಬ ಗುಮಾಸ್ತರ ಮೇಜಿನ ಮೇಲೆಯೇ ಇರುತ್ತವೆ. ಕಾರ್ಮಿಕನು ಆರು ದಿನ ಜ್ವರದಿಂದ ಮಲಗಿ ಮರಳಿ ಬಂದಾಗ "ಯಾವುದಾದರೂ ರಜೆ ಹಾಕಿಕೊಳ್ಳಿ ಸಾರ್" ಎಂದು ಹೇಳುತ್ತಾನೆ. ಗುಮಾಸ್ತರು ಯಾವ ರಜೆ ಉಳಿದಿದೆಯೋ ಅದನ್ನು ಬರೆಯುತ್ತಾರೆ. ಆ ಒಂದು ಬರಹದಿಂದ ಕಾರ್ಮಿಕನಿಗೆ ಸಾವಿರಾರು ರೂಪಾಯಿ ವ್ಯತ್ಯಾಸವಾಗಬಹುದೆಂಬುದನ್ನೂ, ಕೆಲವೊಮ್ಮೆ ಮಾಲೀಕರು ವಿವರಣೆ ನೀಡಬೇಕಾಗಿ ಬರುವುದೆಂಬುದನ್ನೂ ಬಹುಮಂದಿ ಗಮನಿಸಿರುವುದಿಲ್ಲ.

ಈ ನಾಲ್ಕು ರಜೆಗಳ ಮೂಲ ಒಂದೇ ಅಲ್ಲ. ಗಳಿಕೆ ರಜೆಯು ಕಾನೂನಿನಿಂದ ಬಂದ ಹಕ್ಕು. 1948ರ ಕಾರ್ಖಾನೆಗಳ ಕಾಯ್ದೆಯಲ್ಲಿ ವರ್ಷಕ್ಕೆ 240 ದಿನ ದುಡಿದವನಿಗೆ ಮಾತ್ರ ಈ ಹಕ್ಕು ದೊರೆಯುತ್ತಿತ್ತು. ಆ ಕಾಯ್ದೆಯ ಸ್ಥಾನದಲ್ಲಿ 2025ರ ನವೆಂಬರ್ 21ರಂದು ಜಾರಿಗೆ ಬಂದ ಔದ್ಯೋಗಿಕ ಸುರಕ್ಷತೆ, ಆರೋಗ್ಯ ಮತ್ತು ಕೆಲಸದ ಸ್ಥಿತಿಗತಿಗಳ ಸಂಹಿತೆಯು ಈ ಮಿತಿಯನ್ನು 180 ದಿನಕ್ಕೆ ಇಳಿಸಿದೆ. ದುಡಿದ ಪ್ರತಿ 20 ದಿನಕ್ಕೆ ಒಂದು ದಿನ ರಜೆ ಎಂಬ ಪ್ರಮಾಣ ಮಾತ್ರ ಬದಲಾಗಿಲ್ಲ. ಬಳಸದ ರಜೆಯನ್ನು 30 ದಿನದವರೆಗೆ ಮುಂದಿನ ವರ್ಷಕ್ಕೆ ಕೊಂಡೊಯ್ಯಬಹುದು. ವರ್ಷಾಂತ್ಯದಲ್ಲಿ ಕಾರ್ಮಿಕನು ಕೇಳಿದರೆ ಅದನ್ನು ನಗದಾಗಿಸಿಕೊಡಬೇಕು. ಹಳೆಯ 240ರ ಲೆಕ್ಕವನ್ನೇ ಇಂದಿಗೂ ಹಿಡಿದಿರುವ ಪುಸ್ತಕಗಳನ್ನು ತಿದ್ದಿಕೊಳ್ಳುವುದು ಒಳಿತು.

ಸಾಂದರ್ಭಿಕ ರಜೆ, ಅಂದರೆ ಎಲ್ಲರೂ ಸಿ.ಎಲ್. ಎನ್ನುವ ರಜೆ, ಈ ಸಂಹಿತೆಯ ರಜೆ ಪ್ರಕರಣದಲ್ಲಿ ಇಲ್ಲ. ಅದು ಸಂಸ್ಥೆಯ ಸ್ಥಾಯೀ ಆದೇಶ ಅಥವಾ ನೇಮಕಾತಿ ಪತ್ರದ ಷರತ್ತಿನಿಂದ ಬರುತ್ತದೆ. 1946ರ ಕೇಂದ್ರ ನಿಯಮಗಳ ಮಾದರಿ ಸ್ಥಾಯೀ ಆದೇಶದಲ್ಲಿ ಅದು ವರ್ಷಕ್ಕೆ 10 ದಿನ ಮೀರದಂತೆ, ಕಾಯಿಲೆಯ ಹೊರತು ಒಮ್ಮೆಗೆ ಮೂರು ದಿನ ಮೀರದಂತೆ ಇತ್ತು. ಮುಂಚಿತವಾಗಿ ಊಹಿಸಲಾಗದ ಪ್ರಸಂಗಗಳಿಗಾಗಿಯೇ ಈ ರಜೆ ಎಂದು ಅಲ್ಲಿ ಹೇಳಲಾಗಿತ್ತು. ಆದ್ದರಿಂದ ಊರ ಜಾತ್ರೆಗೆಂದು ತಿಂಗಳ ಮೊದಲೇ ತಿಳಿದಿರುವ ರಜೆಯನ್ನು ಸಿ.ಎಲ್. ಖಾತೆಗೆ ಬರೆಯುವುದು ಅದರ ಉದ್ದೇಶಕ್ಕೆ ಹೊಂದುವುದಿಲ್ಲ. ಅದು ಗಳಿಕೆ ರಜೆಯ ಕೆಲಸ.

ಅಂಗಡಿ, ಗೋದಾಮು, ಮಾರಾಟ ಕಚೇರಿ ನಡೆಸುವ ವರ್ತಕರಿಗೆ ಅನ್ವಯಿಸುವುದು 1961ರ ಕರ್ನಾಟಕ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ. ಅದರಲ್ಲಿ 20 ದಿನಕ್ಕೆ ಒಂದರಂತೆ ವಾರ್ಷಿಕ ರಜೆಯ ಜೊತೆಗೆ, ಕಾಯಿಲೆ, ಅಪಘಾತ ಅಥವಾ ಬೇರೆ ಯಾವುದೇ ಸಕಾರಣಕ್ಕೆ ವರ್ಷಕ್ಕೆ 12 ದಿನಗಳವರೆಗೆ ವೇತನಸಹಿತ ರಜೆ ಇದೆ. "ಬೇರೆ ಸಕಾರಣ" ಎಂಬ ಮಾತು ಇರುವುದರಿಂದ ಅನಾರೋಗ್ಯ ರಜೆ ಮತ್ತು ಸಾಂದರ್ಭಿಕ ರಜೆ ಇಲ್ಲಿ ಒಂದೇ ಗಂಟಿನಲ್ಲಿವೆ. ಎರಡನ್ನೂ ಬೇರೆ ಬೇರೆ ಕೊಡುವುದು ಮಾಲೀಕರ ಔದಾರ್ಯಕ್ಕೆ ಬಿಟ್ಟದ್ದು.

ಕಾರ್ಖಾನೆಯಲ್ಲಿ ಕಾಯಿಲೆಯ ಪ್ರಶ್ನೆ ಬಂದಾಗ ರಾಜ್ಯ ಕಾರ್ಮಿಕ ವಿಮೆಯನ್ನು, ಅಂದರೆ ಇ.ಎಸ್.ಐ.ಯನ್ನು, ಮರೆಯುವಂತಿಲ್ಲ. ರಾಜಾಜಿನಗರದ ಇ.ಎಸ್.ಐ. ಆಸ್ಪತ್ರೆಯಲ್ಲಿ ಚಿಕಿತ್ಸೆ ಪಡೆದವರೂ ಸಹ, ಅಲ್ಲಿ ದೊರೆಯುವ ವೈದ್ಯ ಪ್ರಮಾಣಪತ್ರಕ್ಕೆ ಹಣವೂ ಬರುತ್ತದೆಂಬುದನ್ನು ಅನೇಕ ವೇಳೆ ತಿಳಿದಿರುವುದಿಲ್ಲ. 2017ರ ಜನವರಿಯಲ್ಲಿ ವ್ಯಾಪ್ತಿಯ ವೇತನ ಮಿತಿಯನ್ನು ತಿಂಗಳಿಗೆ 21,000 ರೂಪಾಯಿಗೆ ಏರಿಸಲಾಯಿತು. ವಿಮೆಗೊಳಗಾದ ಕಾರ್ಮಿಕನಿಗೆ ಕಾಯಿಲೆಯ ದಿನಗಳಲ್ಲಿ ಸರಾಸರಿ ದಿನವೇತನದ ಶೇ. 70ರಷ್ಟು ಹಣ ವರ್ಷಕ್ಕೆ 91 ದಿನಗಳವರೆಗೆ ದೊರೆಯುತ್ತದೆ. ಇದಕ್ಕೆ ಸಂಬಂಧಪಟ್ಟ ಆರು ತಿಂಗಳ ವಂತಿಗೆ ಅವಧಿಯಲ್ಲಿ ಕನಿಷ್ಠ 78 ದಿನಗಳ ವಂತಿಗೆ ಸಂದಿರಬೇಕು. ಕಾಯಿಲೆಯ ಮೊದಲ ಎರಡು ದಿನಕ್ಕೆ ಹಣವಿಲ್ಲ. ಹಿಂದಿನ ಕಾಯಿಲೆ ಮುಗಿದು 15 ದಿನದೊಳಗೆ ಮತ್ತೆ ಮಲಗಿದರೆ ಮಾತ್ರ ಈ ಕಡಿತ ಇರುವುದಿಲ್ಲ. ಮುಖ್ಯವಾದ ಷರತ್ತು ಇನ್ನೊಂದು: ವೇತನಸಹಿತ ರಜೆ ಪಡೆದ ದಿನಕ್ಕೆ ಇ.ಎಸ್.ಐ. ಹಣ ಸಿಗುವುದಿಲ್ಲ.

ಇದನ್ನು ಒಂದು ಉದಾಹರಣೆಯಿಂದ ನೋಡಬಹುದು. ಕಾಮಾಕ್ಷಿಪಾಳ್ಯದ ಲೇತ್ ಕಾರ್ಮಿಕನೊಬ್ಬನ ತಿಂಗಳ ವೇತನ 15,600 ರೂಪಾಯಿ, ಕೆಲಸದ ದಿನಗಳು 26 ಎಂದಿಟ್ಟುಕೊಳ್ಳೋಣ. ದಿನಕ್ಕೆ 600 ರೂಪಾಯಿ ಆಯಿತು. ಆತ ಸೋಮವಾರದಿಂದ ಶನಿವಾರದವರೆಗೆ ಆರು ದಿನ ಜ್ವರದಿಂದ ಗೈರುಹಾಜರಾದ. ವೈದ್ಯರ ಪ್ರಮಾಣಪತ್ರವೂ ಇದೆ, ವಂತಿಗೆಯ ಷರತ್ತೂ ಪೂರೈಸಿದೆ.

ಆರೂ ದಿನವನ್ನು ವೇತನರಹಿತವೆಂದು ಬರೆದು ಅಲ್ಲಿಗೇ ಬಿಟ್ಟರೆ ಆತನ ನಷ್ಟ 3,600 ರೂಪಾಯಿ. ವೇತನರಹಿತವೆಂದು ಬರೆದು ಇ.ಎಸ್.ಐ. ಹಕ್ಕುಪತ್ರವನ್ನೂ ಸಲ್ಲಿಸಿದರೆ, ನಾಲ್ಕು ದಿನಕ್ಕೆ 420ರಂತೆ 1,680 ರೂಪಾಯಿ ಬಂದು ನಷ್ಟ 1,920ಕ್ಕೆ ಇಳಿಯುತ್ತದೆ. ಹಣ ಬಾರದ ಮೊದಲ ಎರಡು ದಿನವನ್ನು ಸಿ.ಎಲ್. ಆಗಿ ಕೊಟ್ಟು ಉಳಿದ ನಾಲ್ಕನ್ನು ಇ.ಎಸ್.ಐ.ಗೆ ಬಿಟ್ಟರೆ, ಕಡಿತವಾಗುವ 2,400ರಲ್ಲಿ 1,680 ಮರಳಿ ಬಂದು ನಷ್ಟ ಕೇವಲ 720. ಆರೂ ದಿನ ಗಳಿಕೆ ರಜೆ ಬರೆದರೆ ಈ ತಿಂಗಳ ಸಂಬಳ ಪೂರ್ತಿ ಕೈಗೆ ಬರುತ್ತದೆ ನಿಜ; ಆದರೆ ವರ್ಷಾಂತ್ಯದಲ್ಲಿ ನಗದಾಗಬಹುದಾಗಿದ್ದ ಆರು ದಿನಗಳು, ಅದೇ ದರದಲ್ಲಿ 3,600 ರೂಪಾಯಿ, ಕರಗಿಹೋಗುತ್ತವೆ. "ಸಂಬಳ ಕಡಿತವಾಗಲಿಲ್ಲ" ಎಂಬ ಸಮಾಧಾನದಲ್ಲಿ ಇದು ಯಾರ ಕಣ್ಣಿಗೂ ಬೀಳುವುದಿಲ್ಲ. ಅದೇ ಕಾರ್ಮಿಕ ಮನೆ ಬಾಡಿಗೆಗೆ ಈ ತಿಂಗಳೇ ಹಣ ಬೇಕೆಂದು ಗಳಿಕೆ ರಜೆಯನ್ನೇ ಕೇಳಿದರೆ ಅದೂ ತಪ್ಪಲ್ಲ, ಇ.ಎಸ್.ಐ. ಹಣ ಸಂಬಳದ ದಿನಕ್ಕೇ ಬರುತ್ತದೆಂಬ ಭರವಸೆಯೇನೂ ಇಲ್ಲ. ತಿಳಿದು ಆರಿಸಿಕೊಂಡರೆ ಸಾಕು.

ಗೊಂದಲ ಹುಟ್ಟುವುದು ಎರಡನ್ನೂ ಒಟ್ಟಿಗೆ ಮಾಡಿದಾಗ. ಕಾರ್ಮಿಕನು ಇ.ಎಸ್.ಐ. ಶಾಖಾ ಕಚೇರಿಗೆ ಹಕ್ಕುಪತ್ರ ಸಲ್ಲಿಸಿರುತ್ತಾನೆ. ಇತ್ತ ಗುಮಾಸ್ತರು ಸಹಾನುಭೂತಿಯಿಂದ ಅದೇ ದಿನಗಳಿಗೆ ಗಳಿಕೆ ರಜೆ ಬರೆದಿರುತ್ತಾರೆ. ಗೈರುಹಾಜರಿಯನ್ನು ದೃಢೀಕರಿಸುವಂತೆ ಶಾಖಾ ಕಚೇರಿಯಿಂದ ಮಾಲೀಕರಿಗೆ ಪತ್ರ ಬಂದಾಗ ಹಾಜರಿ ಪುಸ್ತಕ ಒಂದು ಹೇಳುತ್ತದೆ, ಹಕ್ಕುಪತ್ರ ಇನ್ನೊಂದು ಹೇಳುತ್ತದೆ. ಪಡೆದ ಹಣವನ್ನು ಕಾರ್ಮಿಕನು ಹಿಂತಿರುಗಿಸಬೇಕಾಗುತ್ತದೆ. ಆದ್ದರಿಂದ ಪ್ರಮಾಣಪತ್ರದ ಪ್ರತಿ ನೋಡಿ, ಹಕ್ಕುಪತ್ರ ಸಲ್ಲಿಸುವಿರಾ ಎಂದು ಕೇಳಿದ ಮೇಲೆಯೇ ರಜೆಯ ಬಗೆಯನ್ನು ಬರೆಯತಕ್ಕದ್ದು.

ವೇತನರಹಿತ ರಜೆಗೆ ಇನ್ನೊಂದು ಮುಖವಿದೆ. ಗೈರುಹಾಜರಿಗೆ ಕಡಿತ ಮಾಡುವಾಗ, ಆ ವೇತನಾವಧಿಯಲ್ಲಿ ದುಡಿಯಬೇಕಿದ್ದ ದಿನಗಳಿಗೆ ಗೈರಾದ ದಿನಗಳ ಪ್ರಮಾಣ ಎಷ್ಟೋ ಅದನ್ನು ಮೀರುವಂತಿಲ್ಲ. ಮೇಲಿನ ಉದಾಹರಣೆಯಲ್ಲಿ ದಿನಕ್ಕೆ 600ಕ್ಕಿಂತ ಹೆಚ್ಚು ಹಿಡಿಯುವಂತಿಲ್ಲ. ಶನಿವಾರ ಮತ್ತು ಸೋಮವಾರ ಗೈರಾದವನಿಗೆ ನಡುವಿನ ಭಾನುವಾರವನ್ನೂ ಅದೇ ದರದಲ್ಲಿ ಕಡಿತಗೊಳಿಸಿ 1,800 ಹಿಡಿಯುವ ಪದ್ಧತಿ ಕೆಲವು ಕಡೆ ಇದೆ. 26ರಿಂದ ಭಾಗಿಸಿದ ಮೇಲೆ ಇದು ಲೆಕ್ಕಕ್ಕೆ ನಿಲ್ಲುವುದಿಲ್ಲ. ಇನ್ನು ವೇತನವಿಲ್ಲದ ದಿನಕ್ಕೆ ಇ.ಎಸ್.ಐ. ವಂತಿಗೆಯೂ ಇಲ್ಲದಿರುವುದರಿಂದ, ಅರ್ಧ ವರ್ಷದಲ್ಲಿ ದೀರ್ಘಕಾಲ ವೇತನರಹಿತವಾಗಿ ಊರಿಗೆ ಹೋದವನು 78 ದಿನದ ಗಡಿ ಮುಟ್ಟದೆ, ಮುಂದೆ ಕಾಯಿಲೆ ಬಿದ್ದಾಗ ಬರಿಗೈಯಾಗಬಹುದು.

ಗಳಿಕೆ ರಜೆಯನ್ನು ಕೆಲಸದ ಒತ್ತಡದಿಂದ ನಿರಾಕರಿಸುವ ಅಧಿಕಾರ ಮಾಲೀಕರಿಗೆ ಇಲ್ಲವೆಂದಲ್ಲ. ಆದರೆ ಅರ್ಜಿ ಕೊಟ್ಟೂ ಸಿಗದ ರಜೆ 30 ದಿನದ ಮಿತಿಗೆ ಒಳಪಡದೆ ಮುಂದಿನ ವರ್ಷಕ್ಕೆ ಸೇರುತ್ತದೆ. ಬಾಯಿಮಾತಿನ "ಈಗ ಬೇಡ, ಹಬ್ಬ ಆದ ಮೇಲೆ ನೋಡೋಣ" ಎಂಬುದಕ್ಕೆ ಪುಸ್ತಕದಲ್ಲಿ ಜಾಗವಿಲ್ಲ; ಅರ್ಜಿಯ ತಾರೀಖು, ಕೇಳಿದ ದಿನಗಳು, ನಿರಾಕರಣೆ ಈ ಮೂರನ್ನೂ ರಜೆ ಪುಸ್ತಕದಲ್ಲಿ ಬರೆದು ಇಬ್ಬರೂ ಸಹಿ ಹಾಕಿದರೆ ವರ್ಷಾಂತ್ಯದ ನಗದೀಕರಣದ ವೇಳೆ ಜಗಳಕ್ಕೆ ಅವಕಾಶವಿರುವುದಿಲ್ಲ.