ಬಿಕಲಂ ಎಂಬ ಸಾಕ್ಷಿ, ಮತ್ತು ಸಮುದ್ರ ದಾಟಿದ ಪಾಲುದಾರಿಕೆ ಪತ್ರ

ಬ್ಯಾಡಗಿಯ ಮೆಣಸಿನಕಾಯಿ ಪೇಟೆಯಲ್ಲಿ ಮೂರು ತಲೆಮಾರುಗಳಿಂದ ವ್ಯಾಪಾರ ನಡೆಸಿಕೊಂಡು ಬಂದಿರುವ ಮನೆತನವೊಂದರ ಹಿರಿಯರು ಕೆಲವು ವರ್ಷಗಳ ಹಿಂದೆ ಒಂದು ಸಂಜೆ ನನ್ನ ಮನೆಗೆ ಬಂದು, ಸ್ಪೇನ್ ದೇಶದ ವಕೀಲರೊಬ್ಬರಿಂದ ಬಂದ ಕಾಗದವನ್ನು ಮೇಜಿನ ಮೇಲಿಟ್ಟು, ಬಹಳ ಹೊತ್ತು ಮಾತಿಲ್ಲದೆ ಕುಳಿತರು. ಅವರ ಸಂಸ್ಥೆಯೊಡನೆ ದೀರ್ಘಾವಧಿಯ ಸರಬರಾಜು ಕರಾರು ಮಾಡಿಕೊಳ್ಳಲಿದ್ದ ಅಲ್ಲಿಯ ಕೊಳ್ಳುಗರು ಸಂಸ್ಥೆಯ ಮೂಲ ಪಾಲುದಾರಿಕೆ ಪತ್ರವನ್ನು ಕೇಳಿದ್ದರು. ಕನ್ನಡದಲ್ಲಿದ್ದ ಆ ಪತ್ರವನ್ನು ಇಂಗ್ಲಿಷಿಗೆ ಭಾಷಾಂತರ ಮಾಡಿಸಿ, ನೋಟರಿಯ ಮೊಹರನ್ನೂ ಅಪೋಸ್ಟಿಲ್ ಚೀಟಿಯನ್ನೂ ಹಚ್ಚಿಸಿ ಕಳುಹಿಸಲಾಗಿತ್ತು. ಈಗ ಅಲ್ಲಿಂದ ಬಂದಿದ್ದ ಪ್ರಶ್ನೆ ಇಷ್ಟೇ: ಪತ್ರದಲ್ಲಿ ಮೂವರು ಪಾಲುದಾರರೂ ಇಬ್ಬರು ಸಾಕ್ಷಿಗಳೂ ಇದ್ದಾರೆ, ಕೊನೆಯ ಸಾಲಿನಲ್ಲಿ ಬರುವ ಬಿಕಲಂ ಎಂಬ ವ್ಯಕ್ತಿ ಯಾರು, ಅವನಿಗೆ ಸಂಸ್ಥೆಯಲ್ಲಿ ಯಾವ ಹಕ್ಕಿದೆ?

“ಅಲ್ರೀ ಸರ, ನಮ್ಮ ಮನಿತನದಾಗ ಆ ಹೆಸರಿನವರು ಯಾರೂ ಇಲ್ಲರೀ. ಹಂಗಾರ ಈ ಮನಿಶಾ ಎಲ್ಲಿಂದ ಬಂದಾನ?” ಎಂದು ಅವರು ಕೇಳಿದರು.

ಬಿಕಲಂ ಮನುಷ್ಯನಲ್ಲ. ನಮ್ಮ ಕಡೆಯ ಹಳೆಯ ದಸ್ತಾವೇಜುಗಳ ಕೊನೆಯಲ್ಲಿ, ಸಹಿ ಸಾಕ್ಷಿಗಳೆಲ್ಲ ಮುಗಿದ ಬಳಿಕ, ಪತ್ರವನ್ನು ಕೈಯಾರೆ ಬರೆದವನು ತನ್ನ ಹೆಸರಿನ ಮುಂದೆ ಇಡುತ್ತಿದ್ದ ಪಾರಸಿ ಮೂಲದ ಮಾತು ಅದು. ‘ಇಂಥವನ ಲೇಖನಿಯಿಂದ’ ಎಂಬುದು ಅದರ ಅರ್ಥ. ಭಾಷಾಂತರಕಾರರು ಅದನ್ನು ಬರೆದವನ ಹೆಸರಿನ ಮೊದಲ ಭಾಗವೆಂದು ಭಾವಿಸಿ ಅಕ್ಷರಶಃ ಇಳಿಸಿದ್ದರು. ದುಂಡನೆಯ ಅಕ್ಷರಗಳಲ್ಲಿ ಕರಾರು ಬರೆದು, ತಾನು ಬರೆದೆನೆಂಬ ಹೊಣೆಯನ್ನು ಒಂದೇ ಶಬ್ದದಲ್ಲಿ ಹೊತ್ತು ನಿಲ್ಲುತ್ತಿದ್ದ ಪತ್ರಬರಹಗಾರರ ಪೀಳಿಗೆ ಕಣ್ಣೆದುರಿಗೇ ಕರಗಿಹೋಯಿತು. ಅವರ ಮಾತು ಅರ್ಥವಾಗುವವರೂ ಇಲ್ಲದಾದರಲ್ಲಾ ಎಂಬ ಸಂಕಟ ಆ ಸಂಜೆ ನನ್ನನ್ನು ಬಹುವಾಗಿ ಬಾಧಿಸಿತು.

ಆದರೆ ಸ್ಪೇನಿನ ವಕೀಲರ ಪ್ರಶ್ನೆಯಲ್ಲಿ ಇನ್ನೊಂದು ಪಾಠವೂ ಅಡಗಿತ್ತು. ಅಷ್ಟೊಂದು ಮೊಹರುಗಳನ್ನು ದಾಟಿ ಹೋದ ಕಾಗದದಲ್ಲಿ ಈ ತಪ್ಪನ್ನು ಯಾರೂ ಏಕೆ ಹಿಡಿಯಲಿಲ್ಲ? ಇದಕ್ಕೆ ಉತ್ತರ ಬೇಕಾದರೆ ಆ ಮೊಹರುಗಳು ಎಲ್ಲಿಂದ ಬಂದವು, ಒಂದೊಂದೂ ಯಾವುದಕ್ಕೆ ಮಾತ್ರ ಸಾಕ್ಷಿ ಹೇಳುತ್ತದೆ ಎಂಬುದನ್ನು ತಿಳಿಯಬೇಕಾಗುತ್ತದೆ.

ಮೊದಲು ನೋಟರಿಯ ವಿಷಯ. ಇಂಗ್ಲೆಂಡಿನಲ್ಲಿ ನೋಟರಿಗಳನ್ನು ನೇಮಿಸುವ ಅಧಿಕಾರ ಪೋಪನದಾಗಿತ್ತು. 1533ರಲ್ಲಿ ಎಂಟನೆಯ ಹೆನ್ರಿಯ ಕಾಲದ ಶಾಸನವೊಂದು ಅದನ್ನು ಕ್ಯಾಂಟರ್ಬರಿಯ ಆರ್ಚ್‌ಬಿಷಪ್ಪರಿಗೆ ವಹಿಸಿತು, ಅವರ ಪರವಾಗಿ ಮಾಸ್ಟರ್ ಆಫ್ ಫ್ಯಾಕಲ್ಟೀಸ್ ಎಂಬ ಅಧಿಕಾರಿ ಅದನ್ನು ಚಲಾಯಿಸತೊಡಗಿದರು. ಆಶ್ಚರ್ಯವೆಂದರೆ, ನಮ್ಮ ದೇಶ ಸ್ವತಂತ್ರವಾದ ಮೇಲೆಯೂ ಕೆಲಕಾಲ ಇಲ್ಲಿಯ ನೋಟರಿಗಳು ತಮ್ಮ ಪೂರ್ಣಾಧಿಕಾರವನ್ನು ಪಡೆಯುತ್ತಿದ್ದುದು ಲಂಡನ್ನಿನ ಆ ಕ್ರೈಸ್ತ ಧರ್ಮಪೀಠದ ಕಚೇರಿಯಿಂದಲೇ. 1881ರ ವರ್ಗಾವಣೀಯ ಪತ್ರಗಳ ಕಾಯಿದೆ ಸರ್ಕಾರಕ್ಕೂ ನೇಮಕದ ಅಧಿಕಾರ ಕೊಟ್ಟಿತ್ತಾದರೂ ಅದು ಹುಂಡಿ ಪ್ರಾಮಿಸರಿ ನೋಟುಗಳ ವ್ಯವಹಾರಕ್ಕೆ ಸೀಮಿತವಾಗಿತ್ತು. ಭಾರತದ ನೋಟರಿ ಪರದೇಶದ ಪೀಠದಿಂದ ಅಧಿಕಾರ ಪಡೆಯುವುದು ಉಚಿತವಲ್ಲವೆಂದು ಸ್ಪಷ್ಟವಾಗಿ ಹೇಳಿಯೇ 1952ರ ನೋಟರಿಗಳ ಕಾಯಿದೆಯನ್ನು ತರಲಾಯಿತು. ಆ ಕಾಯಿದೆಯ 8ನೆಯ ಕಲಮು ನೋಟರಿಯ ಕಾರ್ಯಗಳನ್ನು ಎಣಿಸುವಾಗ, ಒಂದು ಭಾಷೆಯಿಂದ ಇನ್ನೊಂದಕ್ಕೆ ಭಾಷಾಂತರ ಮಾಡುವುದನ್ನೂ, ಮಾಡಿದ ಭಾಷಾಂತರವನ್ನು ಪರಿಶೀಲಿಸುವುದನ್ನೂ ಸೇರಿಸಿದೆ. ವಾಸ್ತವದಲ್ಲಿ ಈ ಎರಡನ್ನೂ ಮಾಡುವ ನೋಟರಿಗಳು ವಿರಳ. ಭಾಷಾಂತರಕಾರನು ತಮ್ಮೆದುರು ಪ್ರಮಾಣ ಮಾಡಿ ಸಹಿ ಹಾಕಿದನೆಂಬುದಕ್ಕೆ ಮಾತ್ರ ಅವರು ಮೊಹರು ಒತ್ತುತ್ತಾರೆ. ಸಹಿಯ ಮೇಲಿನ ಪುಟಗಳಲ್ಲಿ ಏನಿದೆ ಎಂಬುದು ಭಾಷಾಂತರಕಾರನ ಹೊಣೆಯಾಗಿಯೇ ಉಳಿಯುತ್ತದೆ.

ಇನ್ನು ಅಪೋಸ್ಟಿಲ್. ಹಿಂದೆ ಒಂದು ದೇಶದ ಕಾಗದ ಇನ್ನೊಂದು ದೇಶದಲ್ಲಿ ಸಲ್ಲಬೇಕಾದರೆ, ನೋಟರಿಯ ಸಹಿಯನ್ನು ಮೇಲಿನವರು, ಅವರ ಸಹಿಯನ್ನು ಅವರ ಮೇಲಿನವರು, ಕೊನೆಗೆ ಹೋಗಬೇಕಾದ ದೇಶದ ರಾಯಭಾರ ಕಚೇರಿಯವರು ದೃಢೀಕರಿಸುವ ಸರಪಣಿಯನ್ನು ಸವೆಸಬೇಕಾಗಿತ್ತು. 1961ರ ಅಕ್ಟೋಬರ್ 5ರ ಹೇಗ್ ಒಪ್ಪಂದ ಆ ಸರಪಣಿಯ ಕೊನೆಯ ಕೊಂಡಿಯನ್ನು, ಎಂದರೆ ರಾಯಭಾರ ಕಚೇರಿಯನ್ನು, ಕಳಚಿ ಅದರ ಸ್ಥಾನದಲ್ಲಿ ಒಂದು ಚೀಟಿಯನ್ನು ಇರಿಸಿತು. ಬದಿ ಒಂಬತ್ತು ಸೆಂಟಿಮೀಟರಿಗೆ ಕಡಿಮೆಯಿಲ್ಲದ ಚೌಕ, ಫ್ರೆಂಚಿನಲ್ಲಿಯೇ ಇರಬೇಕಾದ ಶಿರೋನಾಮೆ, ಅಂಕೆ ಹಾಕಿದ ಹತ್ತು ಸಾಲುಗಳು: ಯಾವ ದೇಶ, ಯಾರು ಸಹಿ ಹಾಕಿದರು, ಯಾವ ಅಧಿಕಾರದಿಂದ, ಯಾರ ಮೊಹರು ಎಂದು ಮೊದಲಾಗಿ. ಅದು ಹೇಳುವುದು ಸಹಿ ನಿಜ, ಸಹಿ ಹಾಕಿದವನ ಅಧಿಕಾರ ನಿಜ, ಮೊಹರು ನಿಜ ಎಂಬಷ್ಟನ್ನೇ. ಒಳಗಿನ ವಿಷಯದ ಬಗೆಗೆ ಅದು ಒಂದಕ್ಷರವನ್ನೂ ನುಡಿಯುವುದಿಲ್ಲ. ಅಪೋಸ್ಟಿಲ್ ಎಂದರೆ ಫ್ರೆಂಚಿನಲ್ಲಿ ಪತ್ರದ ಅಂಚಿನಲ್ಲಿ ಬರೆದ ಟಿಪ್ಪಣಿ. ಪಹಣಿಯ ಕೊನೆಗೊಂದು ಅಂಕಣವನ್ನಿಟ್ಟು ನಮ್ಮ ಕಚೇರಿಗಳು ಷರಾ ಎಂದು ಕರೆಯುತ್ತ ಬಂದದ್ದೂ ಇದೇ ಅಲ್ಲವೇ? ಇಂಥ ಸೊಗಸಾದ ಮಾತು ನಮ್ಮಲ್ಲಿದ್ದೂ ಅದನ್ನು ಈ ಚೀಟಿಗೆ ಬಳಸುವವರಿಲ್ಲದಿರುವುದು ನನಗೆ ನೋವಿನ ಸಂಗತಿ.

ಭಾರತದಲ್ಲಿ ಈ ಒಪ್ಪಂದ ಜಾರಿಗೆ ಬಂದದ್ದು 2005ರ ಜುಲೈ 14ರಂದು. ನಮ್ಮ ಸೇರ್ಪಡೆಗೆ ಜರ್ಮನಿ ಆಕ್ಷೇಪ ಸಲ್ಲಿಸಿದ್ದರಿಂದ ಅಲ್ಲಿಗೆ ಹೋಗುವ ಕಾಗದಕ್ಕೆ ಈ ಚೀಟಿ ಸಲ್ಲದು. ದುಬೈ ಮುಂತಾದ ಊರುಗಳಿರುವ ಸಂಯುಕ್ತ ಅರಬ್ ಸಂಸ್ಥಾನ ಒಪ್ಪಂದಕ್ಕೇ ಸೇರದಿರುವುದರಿಂದ ಅಲ್ಲಿಗೆ ಇಂದಿಗೂ ರಾಯಭಾರ ಕಚೇರಿಯ ಹಾದಿಯೇ ಗತಿ. ಸ್ಪೇನಿಗೆ ಅಪೋಸ್ಟಿಲ್ ಸಾಕು. ವಿದೇಶಾಂಗ ಸಚಿವಾಲಯ ಅದನ್ನು ಹಚ್ಚುವ ಕೆಲಸವನ್ನು 2019ರಿಂದ ದಿಲ್ಲಿಯ ಹೊರಗೂ ಹಂಚಿರುವುದರಿಂದ ಬೆಂಗಳೂರಿನಲ್ಲೇ ಅದು ದೊರೆಯುತ್ತದೆ; ಆದರೆ ಅರ್ಜಿಯನ್ನು ಸಚಿವಾಲಯ ನೇಮಿಸಿದ ಸಂಗ್ರಾಹಕ ಸಂಸ್ಥೆಗಳ ಮೂಲಕವೇ ಕೊಡಬೇಕು. ಅದಕ್ಕೂ ಮುಂಚೆ, ವ್ಯಾಪಾರದ ಕಾಗದವಾದರೆ, ವಾಣಿಜ್ಯ ಮಂಡಳಿಯ ದೃಢೀಕರಣ ಬೇಕು. ವಿಶ್ವೇಶ್ವರಯ್ಯನವರು ದಿವಾನರಾಗಿದ್ದಾಗ, 1916ರಲ್ಲಿ, ಮೈಸೂರು ವಾಣಿಜ್ಯ ಮಂಡಳಿಯಾಗಿ ಹುಟ್ಟಿ ಈಗ ಕರ್ನಾಟಕ ವಾಣಿಜ್ಯ ಮತ್ತು ಕೈಗಾರಿಕಾ ಮಹಾಸಂಸ್ಥೆಯಾಗಿರುವ ಸಂಸ್ಥೆ ಈ ಬಗೆಯ ದೃಢೀಕರಣ ಕೊಡುವಂಥದು. ಹೀಗೆ ನೋಟರಿ, ಮಂಡಳಿ, ಸಚಿವಾಲಯ ಎಂಬ ಮೂರು ಮೆಟ್ಟಿಲುಗಳಲ್ಲಿ ಪ್ರತಿಯೊಂದೂ ತನ್ನ ಕೆಳಗಿನ ಮೆಟ್ಟಿಲಿನ ಸಹಿಯನ್ನು ಮಾತ್ರ ನೋಡುತ್ತದೆ. ಕನ್ನಡವನ್ನು ಓದುವವರು ತಳದಲ್ಲಿ ಕುಳಿತ ಭಾಷಾಂತರಕಾರರೊಬ್ಬರೇ.

ಆದುದರಿಂದ ಮರುದಿನ ಬೆಳಿಗ್ಗೆ ನಾವು ತಳದಿಂದಲೇ ಆರಂಭಿಸಿದೆವು. ಮೂಲಪತ್ರವನ್ನು ಕಿಟಕಿಯ ಬೆಳಕಿಗೆ ಹಿಡಿದಾಗ ಮೊದಲು ಕಂಡದ್ದು, ಹಿಂದಿನ ಭಾಷಾಂತರದಲ್ಲಿ ಸುಳಿವೇ ಇಲ್ಲದ ಹಿಮ್ಮಗ್ಗುಲಿನ ಬರಹ: ಛಾಪಾಕಾಗದ ಮಾರಿದವನ ಕ್ರಮಸಂಖ್ಯೆ, ತಾರೀಖು, ಕೊಂಡವರ ಹೆಸರು, ಅವನ ಸಹಿ. ಕಾಗದ ಕೊಂಡ ತಾರೀಖು ಪತ್ರದ ತಾರೀಖಿಗಿಂತ ಹಿಂದಿನದೆಂಬುದನ್ನು ತೋರಿಸುವ ಸಾಕ್ಷ್ಯ ಅದೊಂದೇ. ಅದನ್ನು ಬಿಟ್ಟ ಭಾಷಾಂತರವನ್ನು ಸಂಪೂರ್ಣವೆಂದು ಪ್ರಮಾಣ ಮಾಡುವಂತಿಲ್ಲ. ಪತ್ರ 1971ರ ಬಲಿಪಾಡ್ಯಮಿಯಂದು ಬರೆದದ್ದು, ಆದಕಾರಣ ಅದರಲ್ಲಿ ಊರು ಮೈಸೂರು ರಾಜ್ಯದ ಧಾರವಾಡ ಜಿಲ್ಲೆಯಲ್ಲಿದೆ. ಸಂಸ್ಥೆಯ ಇಂದಿನ ಕಾಗದಗಳಲ್ಲಿ ಕರ್ನಾಟಕದ ಹಾವೇರಿ ಜಿಲ್ಲೆಯೆಂದಿದೆ. ಪಠ್ಯದಲ್ಲಿ ಹಳೆಯ ಹೆಸರುಗಳನ್ನೇ ಉಳಿಸಿ, ರಾಜ್ಯದ ಹೆಸರು 1973ರಲ್ಲಿ ಬದಲಾಯಿತೆಂದೂ ಹಾವೇರಿ 1997ರಲ್ಲಿ ಬೇರೆ ಜಿಲ್ಲೆಯಾಯಿತೆಂದೂ ಭಾಷಾಂತರಕಾರನ ಟಿಪ್ಪಣಿಯೆಂದು ಪುಟದ ಕೆಳಗೆ ಬರೆದೆ. ಮೂಲವನ್ನು ತಿದ್ದುವ ಅಧಿಕಾರ ನಮಗಿಲ್ಲ, ಪಠ್ಯದ ಹೊರಗೆ ನಿಂತು ವಿವರಿಸುವ ಅಧಿಕಾರವುಂಟು. ಮೂರನೆಯ ಪಾಲುದಾರರಾಗಿದ್ದ ತಾಯಿಯವರ ಎಡಗೈ ಹೆಬ್ಬೆಟ್ಟಿನ ಗುರುತನ್ನೂ, ಅದು ಅವರದೇ ಎಂದು ಪಕ್ಕದಲ್ಲಿ ಬರೆದವರ ಸಾಲನ್ನೂ, ಅರ್ಧ ಅಳಿಸಿದ್ದ ಗುಂಡು ಮೊಹರನ್ನೂ ಚೌಕ ಕಂಸಗಳಲ್ಲಿ ವರ್ಣಿಸಿ, ಓದಲಾಗದ ಅಕ್ಷರಗಳನ್ನು ಓದಲಾಗದೆಂದೇ ಬರೆದೆ. ಕೊನೆಯ ಸಾಲಿನಲ್ಲಿ ಬಿಕಲಂ ‘ಇವರಿಂದ ಲಿಖಿತ’ ಎಂದಾಯಿತು.

ಲಗತ್ತುಗಳ ಮಾತಿಗೆ ಬಂದರೆ, ಭಾಷಾಂತರದ ಜೊತೆಗೆ ಮೂಲದ ನೆರಳಚ್ಚು, ಎರಡೂ ಮಗ್ಗುಲುಗಳದು, ಪ್ರತಿ ಪುಟಕ್ಕೂ ಸಂಖ್ಯೆ ಮತ್ತು ಭಾಷಾಂತರಕಾರನ ಚಿಕ್ಕ ರುಜು ಸಹಿತವಾಗಿ ಇರತಕ್ಕದ್ದು. ಅದರ ಮೇಲೆ ಪ್ರಮಾಣಪತ್ರ: ತನ್ನ ಹೆಸರು, ವಿಳಾಸ, ಎರಡೂ ಭಾಷೆಗಳಲ್ಲಿ ತನಗಿರುವ ಪರಿಣತಿಯ ಆಧಾರ, ಪತ್ರದ ಹೆಸರು ಮತ್ತು ತಾರೀಖು, ಪುಟಗಳ ಎಣಿಕೆ, ಏನನ್ನೂ ಸೇರಿಸದೆ ಏನನ್ನೂ ಬಿಡದೆ ಭಾಷಾಂತರಿಸಿರುವೆನೆಂಬ ಮಾತು. ಈ ಸಹಿಯನ್ನು ಮನೆಯಲ್ಲಿ ಹಾಕಿ ಒಯ್ಯುವಂತಿಲ್ಲ, ನೋಟರಿಯ ಎದುರಿಗೇ ಹಾಕಬೇಕು. ನೋಟರಿಯ ವೃತ್ತಿಪ್ರಮಾಣಪತ್ರದ ಅವಧಿ ಮುಗಿದಿಲ್ಲವೆಂಬುದನ್ನೂ ಅವರ ವಹಿಯ ಕ್ರಮಸಂಖ್ಯೆ ಕಾಗದದ ಮೇಲೆ ಬಿದ್ದಿದೆಯೆಂಬುದನ್ನೂ ಅಲ್ಲಿಯೇ ನೋಡಿಕೊಳ್ಳಬೇಕು. ಹೆಸರುಗಳ ಇಂಗ್ಲಿಷ್ ಅಕ್ಷರಗಳನ್ನು ಪಾಲುದಾರರ ಪಾಸ್‌ಪೋರ್ಟಿನಿಂದ ತೆಗೆದುಕೊಂಡದ್ದನ್ನು ನಾನು ಪ್ರಮಾಣಪತ್ರದಲ್ಲಿಯೇ ಕಾಣಿಸಿದೆ.

ಹಿಂದಿನ ಸಲದ ಕಟ್ಟಿನಲ್ಲಿ ಇನ್ನೊಂದು ದೋಷವಿತ್ತು. ಮೂಲದ ನೆರಳಚ್ಚಿಗೆ ನಕಲು ನಿಜವೆಂದು ನೋಟರಿ ಬೇರೆಯಾಗಿ ಸಹಿ ಹಾಕಿದ್ದರು, ಅಪೋಸ್ಟಿಲ್ ಬಿದ್ದದ್ದು ಆ ಹಾಳೆಯ ಬೆನ್ನಿಗೆ. ಭಾಷಾಂತರ ಪಿನ್ನಿನಿಂದ ಸಿಕ್ಕಿಕೊಂಡಿತ್ತೇ ಹೊರತು ಅದಕ್ಕೆ ಯಾವ ರಕ್ಷಣೆಯೂ ಇರಲಿಲ್ಲ. ಯಾರು ಬೇಕಾದರೂ ಬಿಚ್ಚಿ ಬೇರೊಂದು ಹಾಳೆ ಸೇರಿಸಬಹುದಾಗಿತ್ತು. ಈ ಸಲ ನೆರಳಚ್ಚು, ಭಾಷಾಂತರ, ಪ್ರಮಾಣಪತ್ರ ಮೂರನ್ನೂ ಒಂದೇ ದಾರದಲ್ಲಿ ಹೊಲಿದು, ಹಾಳೆಗಳು ಕೂಡುವಲ್ಲೆಲ್ಲ ನೋಟರಿಯ ಮೊಹರು ಅರ್ಧ ಇತ್ತ ಅರ್ಧ ಅತ್ತ ಬೀಳುವಂತೆ ಒತ್ತಿಸಿ, ಕೊನೆಯ ಹಾಳೆಯಲ್ಲಿ ಒಟ್ಟು ಪುಟಗಳನ್ನು ಅಕ್ಷರದಲ್ಲಿ ಬರೆಸಿದೆವು. ಮಂಡಳಿಯ ಸಹಿಯೂ ಸಚಿವಾಲಯದ ಚೀಟಿಯೂ ಆ ಹಾಳೆಗೇ ಬಿದ್ದವು.

ಸ್ಪೇನಿನಲ್ಲಿ ಈ ಇಂಗ್ಲಿಷ್ ಪಠ್ಯವೂ ಅಂತಿಮವಲ್ಲ. ಅಲ್ಲಿಯ ವಿದೇಶಾಂಗ ಇಲಾಖೆ ನೇಮಿಸಿದ ಪ್ರಮಾಣಿತ ಭಾಷಾಂತರಕಾರರು ಅದನ್ನು ಸ್ಪ್ಯಾನಿಷಿಗೆ ತರಬೇಕು, ತರುವಾಗ ಅಪೋಸ್ಟಿಲ್ ಚೀಟಿಯನ್ನೂ ಮೊಹರುಗಳನ್ನೂ ಸೇರಿಸಬೇಕು. ಆದಕಾರಣ ಅವರ ಕೆಲಸ ಇಲ್ಲಿಯ ಚೀಟಿ ಬಿದ್ದ ಮೇಲೆಯೇ ಆರಂಭವಾಗತಕ್ಕದ್ದು. ಅಂಥ ಪ್ರಮಾಣಿತರ ಪದ್ಧತಿ ನಮ್ಮಲ್ಲಿಲ್ಲ. ಅದಿದ್ದು ಕನ್ನಡಕ್ಕೂ ಒಂದು ಪಟ್ಟಿಯಿದ್ದಿದ್ದರೆ, ಹಳೆಯ ದಸ್ತಾವೇಜುಗಳನ್ನು ಓದಬಲ್ಲವರನ್ನು ಪರೀಕ್ಷಿಸಿ ಅದರಲ್ಲಿ ಸೇರಿಸಬಹುದಾಗಿತ್ತು.

ಎರಡು ತಿಂಗಳ ತರುವಾಯ ಆ ಹಿರಿಯರು ಸ್ಪ್ಯಾನಿಷ್ ಪ್ರತಿಯನ್ನು ತಂದು ತೋರಿಸಿದರು. ಒಂದೂ ಮಾತು ನನಗೆ ತಿಳಿಯದು. ಆದರೂ ಕೊನೆಯ ಪುಟವನ್ನು ತೆರೆದು, ಸಾಕ್ಷಿಗಳಿಬ್ಬರ ಹೆಸರಿನ ಕೆಳಗೆ ಬರೆದವನ ಹೆಸರು ಒಂದು ಸಾಲು ಬಿಟ್ಟು, ಬೇರೆಯಾಗಿ ನಿಂತಿರುವುದನ್ನು ಇಬ್ಬರೂ ಬೆರಳಿಟ್ಟು ನೋಡಿದೆವು.