ಲಯ ತಪ್ಪಿದ ಇಸಿಜಿಯಲ್ಲಿ ಬಡಿತ ಎಣಿಸುವ ಬಗೆ

ಇಸಿಜಿ ಕಾಗದದ ಅಡಿಯಲ್ಲಿ ಈ ತುದಿಯಿಂದ ಆ ತುದಿಯವರೆಗೆ ಒಂದೇ ಗೆರೆ ಓಡಿರುತ್ತದೆ. ಮೇಲಿನ ಸಾಲುಗಳಲ್ಲಿ ಒಂದೊಂದು ಲೀಡ್‌ಗೆ ಸಾಮಾನ್ಯವಾಗಿ ಸಿಗುವುದು ಎರಡೂವರೆ ಸೆಕೆಂಡಿನ ಜಾಗ. ಅಡಿಯ ಗೆರೆಯಲ್ಲಿ ಮಾತ್ರ ಹೃದಯ ಹತ್ತು ಸೆಕೆಂಡು ಹೇಗೆ ಬಡಿಯಿತೆಂಬುದು ಎಡೆಬಿಡದೆ ದಾಖಲಾಗಿರುತ್ತದೆ. ಆಸ್ಪತ್ರೆಗಳಲ್ಲಿ ಇದಕ್ಕೆ ರಿದಮ್ ಸ್ಟ್ರಿಪ್ ಎನ್ನುತ್ತಾರೆ. ಏಟ್ರಿಯಲ್ ಫಿಬ್ರಿಲೇಷನ್ ಎಂಬ ಲಯದೋಷ ಮೊದಲು ಕಣ್ಣಿಗೆ ಬೀಳುವುದು ಇಲ್ಲಿಯೇ. ವೈದ್ಯರು ಅದನ್ನು ಚುಟುಕಾಗಿ ಎಎಫ್ ಎಂದು ಕರೆಯುತ್ತಾರೆ.

ಈ ಬೇನೆ ಹೊಸದಲ್ಲ. ಒಂದಕ್ಕೊಂದು ಹೊಂದದೆ ಬಡಿಯುವ ನಾಡಿಯನ್ನು ವೈದ್ಯರು ಬೆರಳ ತುದಿಯಲ್ಲಿ ಬಹುಕಾಲದಿಂದ ಗುರುತಿಸುತ್ತಿದ್ದರು, ಆದರೆ ಅದರ ಮೂಲ ತಿಳಿದಿರಲಿಲ್ಲ. ನೆದರ್ಲೆಂಡ್ಸಿನ ಲೈಡನ್ ನಗರದಲ್ಲಿ ವಿಲ್ಲೆಮ್ ಐಂಥೋವನ್ ಅವರ ಇಸಿಜಿ ಯಂತ್ರ ಎಷ್ಟು ದೊಡ್ಡದಿತ್ತೆಂದರೆ ಅದನ್ನು ರೋಗಿಯ ಬಳಿಗೆ ಒಯ್ಯುವಂತಿರಲಿಲ್ಲ. ಹಾಗಾಗಿ ಅವರು ಸುಮಾರು ಒಂದೂವರೆ ಕಿಲೋಮೀಟರ್ ದೂರದ ಆಸ್ಪತ್ರೆಯಿಂದ ತಂತಿಯ ಮೂಲಕ ಪ್ರಯೋಗಾಲಯಕ್ಕೆ ಹೃದಯದ ವಿದ್ಯುತ್ತನ್ನು ತರಿಸಿ ದಾಖಲಿಸಿದರು. 1906ರಲ್ಲಿ ಅವರು ಪ್ರಕಟಿಸಿದ ಗೆರೆಗಳಲ್ಲಿ ಇಂಥ ಅಸ್ತವ್ಯಸ್ತ ನಾಡಿಯದೂ ಒಂದಿತ್ತು. ಮೂರು ವರ್ಷಗಳ ನಂತರ, 1909ರಲ್ಲಿ, ಲಂಡನ್ನಿನ ಥಾಮಸ್ ಲೂಯಿಸ್ ಆ ಗೆರೆಯನ್ನೂ ಹೃದಯದ ಮೇಲಿನ ಕೋಣೆಗಳ ನಡುಕವನ್ನೂ ಜೋಡಿಸಿ ತೋರಿಸಿದರು. ಮನುಷ್ಯರಲ್ಲಿ ಕಂಡದ್ದನ್ನು ಖಚಿತಪಡಿಸಿಕೊಳ್ಳಲು ಅವರು ಮುಂದೆ ನಾಡಿ ತಪ್ಪಿದ ಕುದುರೆಗಳನ್ನೂ ಪರೀಕ್ಷಿಸಿದರು.

ಆರೋಗ್ಯವಂತ ಹೃದಯದಲ್ಲಿ ಮೇಲಿನ ಎರಡು ಕೋಣೆಗಳು, ಅಂದರೆ ಹೃತ್ಕರ್ಣಗಳು, ಒಂದೇ ಆಜ್ಞೆಗೆ ಒಟ್ಟಾಗಿ ಕುಗ್ಗುತ್ತವೆ. ಆ ಕ್ಷಣವೇ ಕಾಗದದ ಮೇಲೆ ಸಣ್ಣ ದಿಬ್ಬವಾಗಿ ಮೂಡುವ ಪಿ ಅಲೆ. ಅದರ ಹಿಂದೆಯೇ ಕೆಳಗಿನ ಕೋಣೆಗಳ ಬಡಿತ ಚೂಪಾದ ಮೊನೆಯಾಗಿ ಏಳುತ್ತದೆ. ಎಎಫ್‌ನಲ್ಲಿ ಆ ಒಂದೇ ಆಜ್ಞೆ ಇಲ್ಲವಾಗುತ್ತದೆ. ನಿಮಿಷಕ್ಕೆ 350ರಿಂದ 600ರಷ್ಟು ಚದುರಿದ ವಿದ್ಯುತ್ ಅಲೆಗಳು ಮೇಲಿನ ಕೋಣೆಗಳಲ್ಲಿ ಸುತ್ತುತ್ತಿರುತ್ತವೆ. ಗೋಡೆ ಕುಗ್ಗುವುದಿಲ್ಲ, ಹುಳು ತುಂಬಿದ ಚೀಲದಂತೆ ಮಿಸುಕಾಡುತ್ತದೆ. ಅಷ್ಟೂ ಅಲೆಗಳು ಕೆಳಗಿಳಿದರೆ ಜೀವ ಉಳಿಯದು. ನಡುವೆ ಇರುವ ಎವಿ ನೋಡ್ ಎಂಬ ಗಂಟು ಅವುಗಳಲ್ಲಿ ಹೆಚ್ಚಿನವನ್ನು ತಡೆದು ಕೆಲವನ್ನಷ್ಟೇ ಬಿಡುತ್ತದೆ. ಅರ್ಧ ದಾರಿಯಲ್ಲಿ ನಿಂತುಹೋದ ಅಲೆಗಳೂ ಆ ಗಂಟನ್ನು ದಣಿಸುತ್ತವೆ. ಆದ್ದರಿಂದ ಮುಂದಿನದು ಯಾವಾಗ ದಾಟುತ್ತದೆ ಎಂಬುದಕ್ಕೆ ಲೆಕ್ಕವೇ ಇಲ್ಲ. ಕಾಗದದ ಮೇಲೆ ಕಾಣುವ ಗೊಂದಲ ಹುಟ್ಟುವುದು ಇಲ್ಲಿ.

ಸ್ಟ್ರಿಪ್ ಕೈಗೆ ಬಂದಾಗ ಮೊದಲು ನೋಡಬೇಕಾದದ್ದು ಮೊನೆಗಳ ನಡುವಿನ ಅಂತರ. ಕಣ್ಣಳತೆಯನ್ನು ನಂಬುವಂತಿಲ್ಲ, ಏಕೆಂದರೆ ಹೃದಯ ವೇಗವಾಗಿ ಓಡುವಾಗ ಅಂತರಗಳ ವ್ಯತ್ಯಾಸ ಕಿರಿದಾಗಿ ಎಲ್ಲವೂ ಸಮವಾಗಿರುವಂತೆ ತೋರುತ್ತದೆ. ಹಳೆಯ ಉಪಾಯವೇ ಇಲ್ಲಿ ವಾಸಿ: ಬಿಳಿ ಕಾಗದದ ಚೂರೊಂದರ ಅಂಚನ್ನು ಮೊನೆಗಳ ಕೆಳಗೆ ಹಿಡಿದು, ಸಾಲಾಗಿ ನಾಲ್ಕು ಮೊನೆಗಳಿಗೆ ಪೆನ್ಸಿಲ್ ಗುರುತು ಹಾಕಿ, ಚೂರನ್ನು ಮುಂದಕ್ಕೆ ಸರಿಸಬೇಕು. ಲಯ ನೆಟ್ಟಗಿದ್ದರೆ ಗುರುತುಗಳು ಮುಂದಿನ ಮೊನೆಗಳಿಗೂ ಕೂಡುತ್ತವೆ. ಎರಡಕ್ಕೊಂದು, ಮೂರಕ್ಕೊಂದು ಹೆಚ್ಚುವರಿ ಬಡಿತ ಬೀಳುವವರಲ್ಲಿ ಅದೇ ವಿನ್ಯಾಸ ಮತ್ತೆ ಮತ್ತೆ ಬರುವುದು ಗೊತ್ತಾಗುತ್ತದೆ. ಎಎಫ್‌ನಲ್ಲಿ ಎಲ್ಲಿಗೆ ಸರಿಸಿದರೂ ಗುರುತುಗಳು ಕೂಡುವುದಿಲ್ಲ, ಯಾವ ವಿನ್ಯಾಸವೂ ಮರುಕಳಿಸುವುದಿಲ್ಲ.

ಅಷ್ಟರಿಂದಲೇ ಎಎಫ್ ಎಂದು ಬರೆದುಬಿಡುವಂತಿಲ್ಲ. ಎಳೆಯರಲ್ಲಿ ಉಸಿರಾಟದ ಜೊತೆಗೆ ಬಡಿತ ಏರಿಳಿಯುವುದು ಸಹಜ, ಅಲ್ಲಿಯೂ ಅಂತರಗಳು ಬದಲಾಗುತ್ತವೆ. ಬೇರ್ಪಡಿಸಿ ತೋರಿಸುವುದು ಪಿ ಅಲೆ. ಉಸಿರಾಟದ ಏರಿಳಿತದಲ್ಲಿ ಪ್ರತಿ ಮೊನೆಯ ಹಿಂದೆಯೂ ಒಂದೇ ಆಕಾರದ, ಒಂದೇ ದೂರದ ಪಿ ಅಲೆ ಇರುತ್ತದೆ. ಎಎಫ್‌ನಲ್ಲಿ ಅದು ಎಲ್ಲಿಯೂ ಸಿಗುವುದಿಲ್ಲ. ಅದರ ಜಾಗದಲ್ಲಿ ಗೆರೆ ಸಣ್ಣಗೆ ನಡುಗುತ್ತಿರಬಹುದು, ಬಹುಕಾಲದ ಎಎಫ್‌ನಲ್ಲಿ ಹೆಚ್ಚುಕಡಿಮೆ ಚಪ್ಪಟೆಯಾಗಿಯೇ ಇರಬಹುದು. ಈ ನಡುಕ ಸಾಮಾನ್ಯವಾಗಿ ಚೆನ್ನಾಗಿ ಕಾಣುವುದು ಎದೆಯ ಮೊದಲ ಲೀಡ್ ವಿ1ರಲ್ಲಿ. ಹಾಗಾಗಿ ಅಡಿಯ ಗೆರೆ ನೋಡಿ ಮುಗಿಸದೆ ಕಣ್ಣು ಒಮ್ಮೆ ಅಲ್ಲಿಗೂ ಹೋಗಬೇಕು.

ಹೆಚ್ಚು ಜನ ಎಡವುವುದು ಈ ನಡುಕದಲ್ಲೇ. ಪಾರ್ಕಿನ್ಸನ್ ಕಾಯಿಲೆಯವರ ಕೈ ಸೆಕೆಂಡಿಗೆ ನಾಲ್ಕರಿಂದ ಆರು ಬಾರಿ ಅಲುಗುತ್ತದೆ, ಅಂದರೆ ನಿಮಿಷಕ್ಕೆ 240ರಿಂದ 360 ಬಾರಿ. ಹೃತ್ಕರ್ಣದ ಲಯದೋಷಗಳ ವೇಗಕ್ಕೆ ಇದು ತೀರಾ ಹತ್ತಿರ. ಕೈಯ ಅಲುಗಾಟ ಗೆರೆಯ ಮೇಲೆ ಬಿದ್ದು ನಿಜವಾದ ಪಿ ಅಲೆಯನ್ನು ಮುಚ್ಚಿದರೆ ಯಂತ್ರವೂ ಮೋಸಹೋಗುತ್ತದೆ. ಪತ್ತೆಹಚ್ಚಲು ಒಂದು ದಾರಿ ಇದೆ. ಕೈಕಾಲಿನ ಲೀಡ್‌ಗಳಲ್ಲಿ ಪ್ರತಿಯೊಂದೂ ಎರಡು ಅಂಗಗಳ ನಡುವಿನ ಅಳತೆ. ಬಲಗೈ ಮಾತ್ರ ನಡುಗುತ್ತಿದ್ದರೆ ಅದನ್ನು ಬಳಸುವ ಲೀಡ್ ಒಂದು ಮತ್ತು ಎರಡು ಕೆಡುತ್ತವೆ. ಎಡಗೈ ಮತ್ತು ಎಡಗಾಲಿನ ನಡುವಿನ ಲೀಡ್ ಮೂರು ಶುಭ್ರವಾಗಿ ಉಳಿಯುತ್ತದೆ. ಅಲ್ಲಿ ಸಾಲಾಗಿ ಪಿ ಅಲೆಗಳಿದ್ದರೆ ಅದು ಎಎಫ್ ಅಲ್ಲ. ಚಳಿಗೆ ನಡುಗುವ ರೋಗಿಗೆ ಕಂಬಳಿ ಹೊದಿಸಿ ಇನ್ನೊಮ್ಮೆ ಇಸಿಜಿ ತೆಗೆಯುವುದು ತಪ್ಪು ಹೆಸರು ಬರೆಯುವುದಕ್ಕಿಂತ ಎಷ್ಟೋ ಮೇಲು. ಆ ಹೆಸರಿನ ಬೆನ್ನಿಗೇ ರಕ್ತ ತಿಳಿಗೊಳಿಸುವ ಮಾತ್ರೆ ವರ್ಷಗಟ್ಟಲೆ ಬರಬಹುದು.

ಇನ್ನು ಬಡಿತದ ಲೆಕ್ಕ. ಇಸಿಜಿ ಕಾಗದ ಸಾಮಾನ್ಯವಾಗಿ ಸೆಕೆಂಡಿಗೆ 25 ಮಿಲಿಮೀಟರ್ ಓಡುತ್ತದೆ. ಒಂದು ಸಣ್ಣ ಚೌಕ ಒಂದು ಮಿಲಿಮೀಟರ್, ಅಂದರೆ 0.04 ಸೆಕೆಂಡು. ಐದು ಸಣ್ಣ ಚೌಕ ಸೇರಿದ ದೊಡ್ಡ ಚೌಕ 0.2 ಸೆಕೆಂಡು. ನಿಮಿಷಕ್ಕೆ ಇಂಥ 300 ದೊಡ್ಡ ಚೌಕಗಳು. ನೆಟ್ಟಗಿನ ಲಯದಲ್ಲಿ ಎರಡು ಮೊನೆಗಳ ನಡುವೆ ಎಷ್ಟು ದೊಡ್ಡ ಚೌಕಗಳಿವೆಯೋ ಅಷ್ಟರಿಂದ 300ನ್ನು ಭಾಗಿಸಿದರೆ ಸಾಕು. ನಾಲ್ಕು ಚೌಕವಿದ್ದರೆ ಬಡಿತ 75. ಎಲ್ಲ ಅಂತರಗಳೂ ಒಂದೇ ಆಗಿರುವುದರಿಂದ ಯಾವ ಅಂತರ ಹಿಡಿದರೂ ಅದೇ ಉತ್ತರ.

ಎಎಫ್‌ನಲ್ಲಿ ಈ ಸೂತ್ರ ಕೈಕೊಡುತ್ತದೆ. ಉದಾಹರಣೆಗೆ ಹತ್ತು ಸೆಕೆಂಡಿನ ಒಂದು ಸ್ಟ್ರಿಪ್ ತೆಗೆದುಕೊಳ್ಳೋಣ. ಮೊನೆಗಳ ನಡುವಿನ ಅಂತರ ಸಣ್ಣ ಚೌಕಗಳಲ್ಲಿ ಹೀಗಿದೆ: 11, 10, 13, 10, 12, 14, 10, 11, 12, 14, 11, 13, 20, 14, 15, 19, 14, 16. ಇದರಲ್ಲಿ ಅತಿ ಕಿರಿದಾದ ಅಂತರ 10 ಸಣ್ಣ ಚೌಕ, ಅಂದರೆ ಎರಡು ದೊಡ್ಡ ಚೌಕ. ಅದನ್ನು ಹಿಡಿದು ಲೆಕ್ಕ ಹಾಕಿದವರು 150 ಎಂದು ಬರೆಯುತ್ತಾರೆ. 20 ಚೌಕದ ಅತಿ ಹಿರಿದಾದ ಅಂತರವನ್ನು ಹಿಡಿದವರಿಗೆ ಬರುವುದು 75. ಒಬ್ಬರು ಗಾಬರಿಯಾಗಿ ಚುಚ್ಚುಮದ್ದು ಹುಡುಕುತ್ತಾರೆ, ಇನ್ನೊಬ್ಬರು ರೋಗಿಯನ್ನು ಮನೆಗೆ ಕಳಿಸುತ್ತಾರೆ. ಇಬ್ಬರ ಕೈಯಲ್ಲಿರುವುದೂ ಒಂದೇ ಕಾಗದ.

ಸರಿಯಾದ ದಾರಿ ಅಂತರವನ್ನು ಬಿಟ್ಟು ಮೊನೆಗಳನ್ನೇ ಎಣಿಸುವುದು. ಈ ಸ್ಟ್ರಿಪ್‌ನಲ್ಲಿ 18 ಅಂತರಗಳಿವೆ, ಅಂದರೆ 19 ಮೊನೆಗಳು. ಹತ್ತು ಸೆಕೆಂಡಿನಲ್ಲಿ 19 ಆದರೆ ಆರರಿಂದ ಗುಣಿಸಿ ನಿಮಿಷಕ್ಕೆ 114. ಬೇಕಿದ್ದರೆ ತಾಳೆ ನೋಡಬಹುದು: ಅಂತರಗಳ ಮೊತ್ತ 239 ಸಣ್ಣ ಚೌಕ, ಸರಾಸರಿ 13.3. ನಿಮಿಷದ 1500 ಸಣ್ಣ ಚೌಕಗಳನ್ನು ಅದರಿಂದ ಭಾಗಿಸಿದರೆ 113 ಬರುತ್ತದೆ. ಎರಡೂ ಹೊಂದಿಕೊಂಡವು.

ಚಿಕ್ಕ ತುಂಡು ಮಾತ್ರ ಸಿಕ್ಕಾಗ 30 ದೊಡ್ಡ ಚೌಕಗಳಲ್ಲಿ, ಅಂದರೆ ಆರು ಸೆಕೆಂಡಿನಲ್ಲಿ, ಇರುವ ಮೊನೆಗಳನ್ನು ಎಣಿಸಿ ಹತ್ತರಿಂದ ಗುಣಿಸುವ ರೂಢಿ ಇದೆ. ಮಾನಿಟರಿನ ಮುಂದೆ ಕೆಲಸ ಮಾಡುವ ನರ್ಸ್‌ಗಳಿಗೆ ಇದು ಬಾಯಿಪಾಠ. ಆದರೆ ಇದೇ ಉದಾಹರಣೆಯ ಮೊದಲ ಆರು ಸೆಕೆಂಡಿನಲ್ಲಿ 13 ಮೊನೆಗಳು ಬಿದ್ದಿವೆ, ಕೊನೆಯ ಆರರಲ್ಲಿ 10. ಮೊದಲ ತುಂಡು ಹರಿದುಕೊಂಡವರಿಗೆ 130, ಕೊನೆಯದಕ್ಕೆ 100. ಕಾಗದ ಉದ್ದವಾದಷ್ಟೂ ಉತ್ತರ ನಂಬಿಕೆಗೆ ಹತ್ತಿರವಾಗುತ್ತದೆ. ಮಾನಿಟರಿನ ಸಂಖ್ಯೆ ಒಮ್ಮೆ 96, ಮರುಕ್ಷಣ 131 ಎಂದು ಜಿಗಿಯುವುದಕ್ಕೂ ಇದೇ ಕಾರಣ: ಅದು ಇತ್ತೀಚಿನ ಕೆಲವೇ ಬಡಿತಗಳ ಸರಾಸರಿಯನ್ನು ತೋರಿಸುತ್ತಿರುತ್ತದೆ. ಎಣಿಸುವ ಮೊದಲು ಕಾಗದದ ಅಂಚಿನಲ್ಲಿ ಅಚ್ಚಾದ ವೇಗವನ್ನೂ ನೋಡಿಕೊಳ್ಳಬೇಕು. 25ರ ಬದಲು 50 ಎಂದಿದ್ದರೆ ಅದೇ 30 ಚೌಕಗಳು ಮೂರೇ ಸೆಕೆಂಡು.

ಮಣಿಕಟ್ಟಿನ ನಾಡಿ ಇಲ್ಲಿ ಇನ್ನೊಂದು ಬಗೆಯಲ್ಲಿ ದಾರಿ ತಪ್ಪಿಸುತ್ತದೆ. ಎರಡು ಬಡಿತಗಳ ನಡುವೆ ಬಿಡುವು ತೀರಾ ಕಿರಿದಾದಾಗ ಕೆಳಗಿನ ಕೋಣೆಗೆ ರಕ್ತ ತುಂಬಿಕೊಳ್ಳಲು ಸಮಯ ಸಿಗುವುದಿಲ್ಲ. ಹೃದಯ ಬಡಿಯುತ್ತದೆ, ಕಾಗದದ ಮೇಲೆ ಮೊನೆಯೂ ಏಳುತ್ತದೆ, ಆದರೆ ಆ ಬಡಿತ ಮಣಿಕಟ್ಟಿಗೆ ತಲುಪುವುದಿಲ್ಲ. ಒಬ್ಬರು ಎದೆಯ ಮೇಲೆ ಸ್ಟೆತಾಸ್ಕೋಪ್ ಇಟ್ಟು, ಇನ್ನೊಬ್ಬರು ನಾಡಿ ಹಿಡಿದು, ಒಂದೇ ಗಡಿಯಾರ ನೋಡುತ್ತ ಇಡೀ ಒಂದು ನಿಮಿಷ ಎಣಿಸಿದರೆ ಎದೆಯಲ್ಲಿ 114, ಕೈಯಲ್ಲಿ 92 ಸಿಕ್ಕರೂ ಅಚ್ಚರಿಯಿಲ್ಲ. ಆ 22ರ ಕೊರತೆಯೂ ವೈದ್ಯರಿಗೆ ಬೇಕಾದ ಮಾಹಿತಿಯೇ. ನಾಡಿ ತಪ್ಪಿದವರ ಬೆರಳಿಗೆ ಹಾಕಿದ ಆಕ್ಸಿಮೀಟರ್ ಕಡಿಮೆ ತೋರಿಸುವುದಕ್ಕೂ, ಸ್ವಯಂಚಾಲಿತ ಬಿಪಿ ಯಂತ್ರ ಪ್ರತಿ ಸಲ ಬೇರೆ ಬೇರೆ ಅಂಕಿ ಕೊಡುವುದಕ್ಕೂ ಬಡಿತದಿಂದ ಬಡಿತಕ್ಕೆ ಬದಲಾಗುವ ಈ ರಕ್ತದ ಪ್ರಮಾಣವೇ ಕಾರಣ.

ಇಷ್ಟೆಲ್ಲ ಎಣಿಸುವುದು ಯಾತಕ್ಕೆಂದರೆ ಔಷಧಿಯ ತೀರ್ಮಾನ ಅದರ ಮೇಲೆ ನಿಂತಿದೆ. ನೆದರ್ಲೆಂಡ್ಸಿನಲ್ಲಿ ನಡೆದು 2010ರಲ್ಲಿ ಪ್ರಕಟವಾದ ರೇಸ್ 2 ಅಧ್ಯಯನ ಕಾಯಂ ಎಎಫ್ ಇರುವವರನ್ನು ಎರಡು ಗುಂಪು ಮಾಡಿತು. ಒಂದು ಗುಂಪಿನ ಬಡಿತವನ್ನು ವಿಶ್ರಾಂತಿಯಲ್ಲಿ 80ರ ಒಳಗೆ ತರಲು ಯತ್ನಿಸಿದರು, ಇನ್ನೊಂದಕ್ಕೆ 110ರ ಒಳಗಿದ್ದರೆ ಸಾಕೆಂದರು. ಸಡಿಲ ಗುರಿಯ ಗುಂಪಿಗೆ ಅದರಿಂದ ಹೆಚ್ಚಿನ ಕೆಡುಕೇನೂ ಕಾಣಲಿಲ್ಲ. ಅಂದಿನಿಂದ ಅನೇಕ ವೈದ್ಯರು ಆಯಾಸ, ಉಸಿರುಗಟ್ಟುವಿಕೆ ಇಲ್ಲದವರಲ್ಲಿ 110ನ್ನು ಆರಂಭದ ಗಡಿಯಾಗಿ ಇಟ್ಟುಕೊಳ್ಳುತ್ತಾರೆ. ಮೇಲಿನ ಸ್ಟ್ರಿಪ್‌ನ 114 ಆ ಗಡಿಯ ಅಂಚಿನಲ್ಲೇ ಇದೆ. ಹರಿದ ತುಂಡಿನ 100 ಅಥವಾ 130 ಎರಡೂ ಬೇರೆ ಬೇರೆ ದಿಕ್ಕಿಗೆ ತಳ್ಳುತ್ತಿದ್ದವು. ಲಕ್ವದ ಅಪಾಯ ಮಾತ್ರ ಈ ಸಂಖ್ಯೆಗೆ ಕಟ್ಟುಬಿದ್ದಿಲ್ಲ. ಮಿಸುಕಾಡುವ ಹೃತ್ಕರ್ಣದಲ್ಲಿ ರಕ್ತ ನಿಂತು ಗರಣೆ ಕಟ್ಟುವುದು ಬಡಿತ 70 ಇದ್ದವರಲ್ಲೂ ಉಂಟು. ವಯಸ್ಸು, ರಕ್ತದೊತ್ತಡ, ಸಕ್ಕರೆ ಕಾಯಿಲೆ, ಹಿಂದೆ ಆಗಿದ್ದ ಲಕ್ವ, ರುಮ್ಯಾಟಿಕ್ ಜ್ವರದಿಂದ ಕಿರಿದಾದ ಮೈಟ್ರಲ್ ಕವಾಟ ಇವುಗಳನ್ನು ನೋಡಿ ಅದರ ಔಷಧಿ ಬೇರೆಯಾಗಿ ತೀರ್ಮಾನವಾಗುತ್ತದೆ.

ಕೊನೆಗೆ ಒಂದು ವಿಶೇಷ ಸಂದರ್ಭ. ವರ್ಷಗಳಿಂದ ಎಎಫ್ ಇರುವ ರೋಗಿಯ ಸ್ಟ್ರಿಪ್ ಒಂದು ದಿನ ಇದ್ದಕ್ಕಿದ್ದಂತೆ ನೆಟ್ಟಗಾಗಿ, ಕಾಗದದ ಚೂರಿನ ಗುರುತುಗಳೆಲ್ಲ ಕೂಡಿ, ಬಡಿತ 40ರ ಆಸುಪಾಸಿನಲ್ಲಿ ನಿಂತಿದ್ದರೆ ಖಾಯಿಲೆ ವಾಸಿಯಾಯಿತೆಂದು ನಿಟ್ಟುಸಿರುಬಿಡಬಾರದು. ಪಿ ಅಲೆ ಮರಳಿದೆಯೇ ಎಂದು ನೋಡಬೇಕು. ಅದು ಮರಳದೆ ಗೆರೆ ಇನ್ನೂ ನಡುಗುತ್ತಿದ್ದರೆ, ಎವಿ ನೋಡ್ ಪೂರ್ತಿ ಮುಚ್ಚಿಹೋಗಿ ಕೆಳಗಿನ ಕೋಣೆಗಳು ತಮ್ಮ ಪಾಡಿಗೆ ನಿಧಾನವಾಗಿ ಬಡಿಯುತ್ತಿರಬಹುದು. ಡಿಗಾಕ್ಸಿನ್ ಮಾತ್ರೆ ಮೈಗೆ ಹೆಚ್ಚಾದಾಗಲೂ ಹೀಗಾಗುವುದುಂಟು. ಪೇಸ್‌ಮೇಕರ್ ಇಲ್ಲದ ರೋಗಿಯಲ್ಲಿ ಇಂಥ ಸ್ಟ್ರಿಪ್ ಕಂಡರೆ ಮಾತ್ರೆಗಳ ಪಟ್ಟಿಯೊಂದಿಗೆ ಆ ದಿನವೇ ಹೃದಯ ವೈದ್ಯರ ಬಳಿಗೆ ಕರೆದೊಯ್ಯಬೇಕು.