ಮದುವೆ ಮುಗಿದ ಮೇಲಿನ ಲೆಕ್ಕ

ಅಕ್ಕನ ಮಗಳ ಮದುವೆ ಮುಗಿದು ಎಂಟನೇ ದಿನಕ್ಕೆ ಭಾವ ಒಂದು ನೋಟ್‌ಬುಕ್ ತಂದು ನನ್ನ ಮುಂದಿಟ್ಟರು. ಅದರ ಹಾಳೆಗಳ ನಡುವೆ ಬಿಲ್ಲುಗಳು, ಛತ್ರದ ರಸೀದಿ, ಹೂವಿನವನು ಸಿಗರೇಟ್ ಪ್ಯಾಕಿನ ಹಿಂದೆ ಬರೆದುಕೊಟ್ಟ ಚೀಟಿ. ‘ಆರೂವರೆ ಲಕ್ಷದಲ್ಲಿ ಮುಗಿಸಬೇಕು ಅಂತ ಕೂತಿದ್ದೆ ಕಣಯ್ಯಾ. ಕೂಡಿ ನೋಡಿದರೆ 7,67,500 ಆಗಿದೆ. ಒಂದು ಲಕ್ಷದ ಮೇಲೆ ಎಲ್ಲಿ ಹೋಯಿತು ಅಂತ ಗೊತ್ತಾಗ್ತಾ ಇಲ್ಲ’ ಅಂದರು.

ಬರೆಯುವುದರಲ್ಲಿ ಭಾವ ಸೋಮಾರಿಯಲ್ಲ. ದುಡ್ಡು ಕೈಬಿಟ್ಟಾಗಲೆಲ್ಲ ಬರೆದಿದ್ದರು. ಆದರೆ ಬರೆದದ್ದೆಲ್ಲ ದುಡ್ಡು ಹೋದ ಸಾಲಿನಲ್ಲೇ ಇತ್ತು: ‘ಅಡುಗೆಯವರಿಗೆ 50,000’, ‘ಛತ್ರ ಡೆಪಾಸಿಟ್ 30,000’, ‘ಸೀರೆ ಅಂಗಡಿ’, ‘ತೆಂಗಿನಕಾಯಿ’, ‘ಮೈದುನನ ಕೈಗೆ 10,000’. ಇದು ದುಡ್ಡಿನ ದಿನಚರಿ. ಯಾವ ದಿನ ಎಷ್ಟು ಹೋಯಿತು ಎಂದು ಹೇಳುತ್ತದೆ, ಯಾವುದಕ್ಕೆ ಎಷ್ಟಾಯಿತು ಎಂದು ಹೇಳುವುದಿಲ್ಲ. ಮದುವೆಗೆ ಮೊದಲು ಅವರು ಹಾಕಿದ್ದ ಅಂದಾಜು ಇನ್ನೊಂದು ಹಾಳೆಯಲ್ಲಿ, ಬಾಬತ್ತುವಾರು ಇತ್ತು. ಎರಡನ್ನೂ ಒಂದೇ ಪಟ್ಟಿಗೆ ತರುವುದು ನಮ್ಮ ಆ ಸಂಜೆಯ ಕೆಲಸವಾಯಿತು.

ಮೊದಲು ಸಾಲು, ಆಮೇಲೆ ಬಾಬತ್ತು

ಇಂಥ ಲೆಕ್ಕಕ್ಕೆ ಕೂತವರು ಮೊದಲ ಹೆಜ್ಜೆಯಲ್ಲೇ ಬಾಬತ್ತುಗಳಿಗೆ ಹಂಚತೊಡಗುತ್ತಾರೆ. ಅದು ತಪ್ಪು. ಮೊದಲು ಎಲ್ಲವನ್ನೂ ಒಂದೇ ಪಟ್ಟಿಗೆ ಇಳಿಸಬೇಕು: ತಾರೀಖು, ಯಾರಿಗೆ, ಯಾತಕ್ಕೆ, ಎಷ್ಟು. ನೋಟ್‌ಬುಕ್ಕಿನದು ಮಾತ್ರವಲ್ಲ, ಫೋನಿನಿಂದ ಕಳಿಸಿದ್ದು, ಅಕ್ಕ ತನ್ನ ಪರ್ಸಿನಿಂದ ಕೊಟ್ಟದ್ದು, ಬಿಲ್ಲಿದ್ದೂ ಬರೆಯದೆ ಬಿಟ್ಟದ್ದು, ಎಲ್ಲವೂ. ಪಟ್ಟಿ ಮುಗಿದ ಮೇಲೆ ಪ್ರತಿ ಸಾಲಿಗೂ ಒಂದು ಪ್ರಶ್ನೆ ಕೇಳಬೇಕು: ಇದು ಖರ್ಚೇ, ಅಥವಾ ಬರೀ ಕೈಯಿಂದ ಕೈಗೆ ಹೋದ ದುಡ್ಡೇ?

ಆ ಪ್ರಶ್ನೆಗೆ ನಮ್ಮ ಪಟ್ಟಿಯಲ್ಲಿ ಮೂರು ಸಾಲು ಉದುರಿದವು. ಅಡುಗೆಯವರಿಗೆ ಕೊಟ್ಟ 50,000 ಅಡ್ವಾನ್ಸ್ ಒಂದು ಕಡೆ ಇತ್ತು. ಕೊನೆಯಲ್ಲಿ ಬಾಕಿ ಕೊಟ್ಟಾಗ ಭಾವ ಬಾಕಿಯನ್ನು ಬರೆಯದೆ ಪೂರಾ ಬಿಲ್ಲನ್ನು ಬರೆದಿದ್ದರು. ಅಲ್ಲಿಗೆ ಅಡ್ವಾನ್ಸ್ ಎರಡು ಸಲ ಬಂತು. ಹೂವು ತರಲು ಮೈದುನನ ಕೈಗೆ ಕೊಟ್ಟ 10,000 ಬರೆದಿದ್ದರು, ಅವನು ತಂದ ಹೂವಿನ ಬಿಲ್ಲನ್ನೂ ಬರೆದಿದ್ದರು. ಇನ್ನು ಛತ್ರದ ಡೆಪಾಸಿಟ್. ಛತ್ರದವರು ಅದರಲ್ಲಿ ಕರೆಂಟು, ಜನರೇಟರಿನ ಡೀಸೆಲ್, ಕ್ಲೀನಿಂಗ್ ಅಂತ 18,000 ಹಿಡಿದುಕೊಂಡು 12,000 ವಾಪಸು ಕೊಟ್ಟಿದ್ದರು. ಹಿಡಿದುಕೊಂಡ 18,000ವನ್ನು ಭಾವ ಬೇರೆ ಸಾಲಿನಲ್ಲಿ ಬರೆದಿದ್ದರು, ಡೆಪಾಸಿಟ್ 30,000ವನ್ನೂ ಹಾಗೇ ಉಳಿಸಿದ್ದರು. ಡೆಪಾಸಿಟ್ ಖರ್ಚಲ್ಲ. ಅದರಿಂದ ಕಳೆದುಕೊಂಡದ್ದು ಮಾತ್ರ ಖರ್ಚು.

ಮೂರೂ ಸೇರಿ 90,000. ಅಷ್ಟು ದುಡ್ಡು ಎಲ್ಲಿಗೂ ಹೋಗಿರಲಿಲ್ಲ, ಕಾಗದದ ಮೇಲೆ ಎರಡು ಸಲ ಕಾಣಿಸಿಕೊಂಡಿತ್ತು ಅಷ್ಟೆ. ಆದರೆ ಉಲ್ಟಾ ತಪ್ಪೂ ಒಂದಿತ್ತು. ಆಲ್ಬಂ ಕೈಗೆ ಬಂದ ಮೇಲೆ ಫೋಟೊದವರಿಗೆ ಕೊಡಬೇಕಾದ 15,000 ಎಲ್ಲೂ ಇರಲಿಲ್ಲ. ಇನ್ನೂ ಕೊಟ್ಟಿಲ್ಲವಲ್ಲ, ಯಾಕೆ ಬರೆಯಬೇಕು ಎಂದು ಭಾವ ಕೇಳಿದರು. ಕೊಡುವುದಂತೂ ಖಾತ್ರಿ, ಕೆಲಸವೂ ಮುಗಿದಿದೆ. ಆದ್ದರಿಂದ ಅದು ಈ ಮದುವೆಯದೇ ಖರ್ಚು. ‘ಬಾಕಿ’ ಎಂದು ಗುರುತು ಹಾಕಿ ಸೇರಿಸಿದೆವು. 7,67,500 ಈಗ 6,92,500 ಆಯಿತು.

ತೆಂಗಿನಕಾಯಿ ಯಾವ ಬಾಬತ್ತು?

ಈಗ ಹಂಚಿಕೆ. ಇಲ್ಲಿ ಸೂತ್ರ ಒಂದೇ: ಯಾರಿಗೆ ಕೊಟ್ಟಿರಿ ಎನ್ನುವುದರ ಮೇಲಲ್ಲ, ಯಾತಕ್ಕೆ ಕೊಟ್ಟಿರಿ ಎನ್ನುವುದರ ಮೇಲೆ ಹಂಚಬೇಕು. ಮಂಡಿಯಿಂದ 500 ತೆಂಗಿನಕಾಯಿ, ಒಂದಕ್ಕೆ 28ರಂತೆ 14,000ಕ್ಕೆ ಒಂದೇ ಬಿಲ್ಲಿನಲ್ಲಿ ಬಂದಿದ್ದವು. ಅದರಲ್ಲಿ 450 ತಾಂಬೂಲದ ಚೀಲಕ್ಕೆ, 50 ಪೂಜೆಗೆ. ಬಿಲ್ಲು ಒಂದೇ ಆದರೂ ಸಾಲು ಎರಡಾಗಬೇಕು: ತಾಂಬೂಲಕ್ಕೆ 12,600, ಪೂಜೆಗೆ 1,400. ಇಡೀ ಬಿಲ್ಲನ್ನು ಪೂಜೆಗೆ ತಳ್ಳಿದ್ದರೆ ಪೂಜೆ ದುಂದಾಗಿಯೂ ತಾಂಬೂಲ ಅಗ್ಗವಾಗಿಯೂ ಕಾಣುತ್ತಿತ್ತು. ಎರಡೂ ಸುಳ್ಳು.

ಅಂದಾಜು ಹಾಕುವಾಗ ಆ ವಸ್ತುವನ್ನು ಯಾವ ಬಾಬತ್ತಿನಲ್ಲಿ ಇಟ್ಟಿದ್ದಿರೋ ಆದ ಖರ್ಚನ್ನೂ ಅಲ್ಲೇ ಇಡಬೇಕು ಎನ್ನುವುದು ಇದರ ಇನ್ನೊಂದು ಮುಖ. ನಮ್ಮ ಅಡುಗೆಯವರು ಎಲೆ ಲೆಕ್ಕದಲ್ಲಿ ಒಪ್ಪಿಕೊಂಡಿದ್ದರು. ದಿನಸಿ, ತರಕಾರಿ, ಗ್ಯಾಸು, ಬಡಿಸುವವರು ಎಲ್ಲ ಎಲೆಯ ದರದಲ್ಲೇ ಸೇರಿತ್ತು. ಅಡುಗೆಯವರಿಗೆ ಬರೀ ಕೂಲಿ ಕೊಟ್ಟು ದಿನಸಿ ನೀವೇ ತರುವುದಾದರೆ ಪಾತ್ರೆ ಬಾಡಿಗೆ, ಸಿಲಿಂಡರ್, ಬಾಳೆ ಎಲೆಯವರೆಗೆ ಎಲ್ಲವೂ ಊಟದ ಬಾಬತ್ತಿಗೇ ಬರಬೇಕು. ಹಾಗೆ ಸೇರಿಸಿ, ಎದ್ದ ಎಲೆಗಳ ಸಂಖ್ಯೆಯಿಂದ ಭಾಗಿಸಿದರೆ ಒಂದು ಊಟಕ್ಕೆ ನಿಜವಾಗಿ ಎಷ್ಟು ಬಿತ್ತು ಎಂದು ತಿಳಿಯುತ್ತದೆ.

ಎಂಟಕ್ಕಿಂತ ಹೆಚ್ಚು ಬಾಬತ್ತು ನಮಗೆ ಬೇಕಾಗಲಿಲ್ಲ. ‘ಇತರೆ’ ಎಂಬುದನ್ನು ಕೊನೆಗಿಟ್ಟೆವು. ಅದು ಊದಿಕೊಂಡರೆ ಹಂಚಿಕೆ ಸರಿಯಾಗಿಲ್ಲ ಎಂದೇ ಅರ್ಥ. ಒಳಗೆ ಹೆಸರಿಡಬೇಕಾದ ಬಾಬತ್ತೊಂದು ಅವಿತಿರುತ್ತದೆ.

ಕಂಪ್ಯೂಟರಿನಲ್ಲಿ ಮಾಡುವವರು ಸಾಲುಗಳ ಪಟ್ಟಿಯಲ್ಲಿ ಬಾಬತ್ತಿಗೆ C ಕಾಲಂ, ಮೊತ್ತಕ್ಕೆ D ಕಾಲಂ ಇಟ್ಟುಕೊಂಡರೆ ಒಂದು ಬಾಬತ್ತಿನ ಒಟ್ಟು ಹೀಗೆ ಸಿಗುತ್ತದೆ:

```
=SUMIF(C:C,"ಊಟ",D:D)
```

ಒಂದು ಸಾಲಿನಲ್ಲಿ ‘ಊಟ’, ಇನ್ನೊಂದರಲ್ಲಿ ‘ಊಟದ ಖರ್ಚು’ ಎಂದು ಬರೆದರೆ ಎರಡನೆಯದು ಸದ್ದಿಲ್ಲದೆ ಬಿಟ್ಟುಹೋಗುತ್ತದೆ. ಬಾಬತ್ತುಗಳ ಒಟ್ಟು ಮತ್ತು ಮೂಲ ಪಟ್ಟಿಯ ಒಟ್ಟು ಒಂದೇ ಆಗಿದೆಯೇ ಎಂದು ನೋಡಿದರೆ ಇದು ಸಿಕ್ಕಿಬೀಳುತ್ತದೆ. ಕಾಗದದ ಲೆಕ್ಕಕ್ಕೂ ಇದೇ ಪರೀಕ್ಷೆ.

ಮೂರು ಕಾಲಂ

ಪಟ್ಟಿ ಹೀಗೆ ನಿಂತಿತು. ವ್ಯತ್ಯಾಸ ಎಂದರೆ ಆದ ಖರ್ಚಿನಲ್ಲಿ ಅಂದಾಜನ್ನು ಕಳೆದದ್ದು. + ಇದ್ದರೆ ಮೀರಿದೆ, − ಇದ್ದರೆ ಒಳಗಿದೆ. ಕೆಲವರು ಉಲ್ಟಾ ಕಳೆಯುತ್ತಾರೆ. ಯಾವುದಾದರೂ ಸರಿ, ತಲೆಬರಹದಲ್ಲೇ ಬರೆದುಕೊಂಡಿರಬೇಕು.

| ಬಾಬತ್ತು | ಅಂದಾಜು (ರೂ.) | ಆದ ಖರ್ಚು (ರೂ.) | ವ್ಯತ್ಯಾಸ (ರೂ.) |
|---|---|---|---|
| ಛತ್ರ | 1,20,000 | 1,38,000 | +18,000 |
| ಊಟ, ತಿಂಡಿ | 2,20,000 | 2,65,200 | +45,200 |
| ಹೂವು, ಅಲಂಕಾರ, ಫೋಟೊ | 1,10,000 | 1,02,000 | −8,000 |
| ಬಟ್ಟೆಬರೆ | 90,000 | 81,500 | −8,500 |
| ಪುರೋಹಿತರು, ಪೂಜೆ, ವಾಲಗ | 40,000 | 43,500 | +3,500 |
| ಲಗ್ನಪತ್ರಿಕೆ, ತಾಂಬೂಲ | 30,000 | 33,800 | +3,800 |
| ಬಸ್ಸು, ರೂಮು | 30,000 | 22,000 | −8,000 |
| ಇತರೆ | 10,000 | 6,500 | −3,500 |
| ಒಟ್ಟು | 6,50,000 | 6,92,500 | +42,500 |

ಅಂದಾಜಿನ ಕಾಲಂ ನೋಡಿ ಭಾವನಿಗೆ ಕೈ ತುರಿಸಿತು. ‘ಛತ್ರಕ್ಕೆ 1,38,000 ಅಂತಲೇ ತಿದ್ದಿಬಿಡೋಣ. ಕರೆಂಟಿಗೆ ಬೇರೆ ಕೊಡಬೇಕು ಅಂತ ಆಗ ಹೊಳೆದಿರಲಿಲ್ಲ ಅಷ್ಟೆ.’ ಹೊಳೆದಿರಲಿಲ್ಲ ಎನ್ನುವುದೇ ಇಲ್ಲಿನ ಸುದ್ದಿ. ಅಂದಾಜನ್ನು ಆಮೇಲೆ ತಿದ್ದಿದರೆ ವ್ಯತ್ಯಾಸ ಸೊನ್ನೆಯಾಗುತ್ತದೆ, ಪಟ್ಟಿ ಹೇಳಬೇಕಾದ ಮಾತು ಅಳಿಸಿಹೋಗುತ್ತದೆ. ಮರೆತ ಬಾಬತ್ತಿಗೆ ಅಂದಾಜು ಸೊನ್ನೆ ಎಂದೇ ಇರಬೇಕು.

ಬೀಗರು, ನೆಂಟರು ಕೊಟ್ಟ ಮುಯ್ಯಿಯನ್ನೂ ಇದರಲ್ಲಿ ಕಳೆಯಲಿಲ್ಲ. ಅದು ಬಂದ ದುಡ್ಡು, ನಾಳೆ ಅವರ ಮನೆಯ ಮದುವೆಗೆ ತಿರುಗಿಸಬೇಕಾದದ್ದು. ಅದಕ್ಕೆ ಬೇರೆ ಪುಸ್ತಕವೇ ಇದೆ.

42,500ರ ಹಿಂದೆ ಏನಿದೆ?

ಕೊನೆಯ ಸಾಲನ್ನಷ್ಟೇ ನೋಡಿದರೆ ‘ಸ್ವಲ್ಪ ಮೀರಿತು’ ಎಂದು ಪುಸ್ತಕ ಮುಚ್ಚಬಹುದಿತ್ತು. ಆದರೆ ಛತ್ರ ಮತ್ತು ಊಟ ಎರಡೇ 63,200 ಮೀರಿವೆ. ಉಳಿದ ಬಾಬತ್ತುಗಳಲ್ಲಿ ಕೂಡಿ ಕಳೆದು ಉಳಿದ 20,700 ಅದನ್ನು ಮುಚ್ಚಿಟ್ಟಿದೆ.

ಛತ್ರದ್ದು ದುಂದಲ್ಲ, ಮರೆವು. ಬಾಡಿಗೆ ಮಾತಾಡಿದಷ್ಟೇ ಆಯಿತು. ಮೀಟರ್ ಓಡಿದ ಕರೆಂಟು, ಡೀಸೆಲ್, ಕ್ಲೀನಿಂಗ್ ಬಾಡಿಗೆಯ ಹೊರಗೆ ಎಂದು ರಸೀದಿಯ ಹಿಂದೆ ಅಚ್ಚಾಗಿಯೇ ಇತ್ತು.

ಊಟದ್ದನ್ನು ಬಿಚ್ಚಬೇಕಾಯಿತು. ತಿಂಡಿ ಅಂದಾಜಿನಷ್ಟೇ, 15,000. ವರಪೂಜೆಯ ರಾತ್ರಿ 150 ಎಲೆ ಎಂದುಕೊಂಡದ್ದು 190 ಆಯಿತು. ಎಲೆಗೆ 300ರಂತೆ 12,000 ಹೆಚ್ಚು. ಮುಹೂರ್ತದ ಊಟಕ್ಕೆ 400 ಎಲೆ, 400 ರೂಪಾಯಿ ಎಂದು ಮಾತಾಗಿತ್ತು. ಎದ್ದದ್ದು 460 ಎಲೆ, ದರ 420. ಇಲ್ಲಿ 33,200 ಮೀರಿದೆ, ಆದರೆ ಯಾವ ಕಾರಣಕ್ಕೆ ಎಷ್ಟು? ಹೆಚ್ಚಾದ 60 ಎಲೆಯನ್ನು ಹಳೆಯ ದರ 400ರಿಂದ ಗುಣಿಸಿದರೆ 24,000. ಹೆಚ್ಚಾದ 20 ರೂಪಾಯಿ ದರವನ್ನು ಎದ್ದ 460 ಎಲೆಯಿಂದ ಗುಣಿಸಿದರೆ 9,200. ಎರಡೂ ಸೇರಿ ಸರಿಯಾಗಿ 33,200.

ಈ 20 ರೂಪಾಯಿ ಎಲ್ಲಿಂದ ಬಂತು ಎಂದು ಭಾವ ಹುಬ್ಬು ಗಂಟಿಕ್ಕುವಷ್ಟರಲ್ಲಿ ಒಳಗಿನಿಂದ ಅಕ್ಕನ ದನಿ ಬಂತು: ‘ಒಬ್ಬಟ್ಟು ಹಾಕಿಸಿ ಅಂತ ನಾನೇ ಹೇಳಿದ್ದು. ತಿಂದೋರಲ್ಲಿ ನೀವೂ ಇದ್ರಿ.’

ಒಬ್ಬಟ್ಟಿನ ಪಾಲು 9,200 ಮಾತ್ರ. ಜನ ಹೆಚ್ಚಾದದ್ದರ ಪಾಲು ಎರಡೂ ಊಟ ಸೇರಿ 36,000. ಮುಂದಿನ ಸಲ ಸಿಹಿ ಕಡಿಮೆ ಮಾಡಿ ಉಳಿಸುತ್ತೇನೆ ಎಂದು ಹೊರಟರೆ ಸಿಗುವುದು ಅಲ್ಪ. ಪತ್ರಿಕೆ ಹಂಚಿದ ಪಟ್ಟಿಯಿಂದ ಎಲೆ ಎಣಿಸುವುದರಲ್ಲೇ ದೊಡ್ಡ ತಪ್ಪಾಗಿತ್ತು. ಎಣಿಕೆಯನ್ನು ಅಡುಗೆಯವರಿಗಷ್ಟೇ ಬಿಡದೆ ಪಂಕ್ತಿಗೊಮ್ಮೆ ನಮ್ಮ ಕಡೆಯವನೊಬ್ಬ ಜೊತೆಗೆ ನಿಂತು ಬರೆದುಕೊಂಡಿದ್ದರಿಂದಲೇ 460 ಎನ್ನುವುದನ್ನು ನಂಬಲು ಸಾಧ್ಯವಾಯಿತು. ಜನ ಕಡಿಮೆಯಾಗಿದ್ದರೂ ಇಂತಿಷ್ಟು ಎಲೆಗೆ ದುಡ್ಡು ಕೊಡಲೇಬೇಕು ಎಂಬ ಕರಾರು ಇದ್ದರೆ ಲೆಕ್ಕಕ್ಕೆ ಹಿಡಿಯಬೇಕಾದದ್ದು ಎದ್ದ ಎಲೆಯಲ್ಲ, ಆ ಕರಾರಿನ ಸಂಖ್ಯೆ.

ಮೈನಸ್ ಕಂಡಲ್ಲೂ ನಾವು ಹಿಗ್ಗಲಿಲ್ಲ. ಮೈನಸ್ ಎಂದರೆ ಉಳಿತಾಯವೂ ಇರಬಹುದು, ಇನ್ನೂ ಬಾರದ ಬಿಲ್ಲೂ ಇರಬಹುದು. ಆಲ್ಬಂ ಬಾಕಿ ಸೇರಿಸುವ ಮೊದಲು ಫೋಟೊದ ಸಾಲಿನಲ್ಲಿ −23,000 ಕಾಣುತ್ತಿತ್ತು. ನಿಜವಾಗಿ ಉಳಿದದ್ದು 8,000. ಬಸ್ಸಿನ 8,000ಕ್ಕೂ ಫೋನ್ ಮಾಡಿ ಕೇಳಿದೆವು. ಒಂದು ಮಿನಿ ಬಸ್ಸು ರದ್ದು ಮಾಡಿದ್ದು ಹೌದು, ಬಾಕಿ ಏನೂ ಇಲ್ಲ. ಅದು ಉಳಿತಾಯವೇ.

ಭಾವ ಪಟ್ಟಿಯನ್ನು ನೋಟ್‌ಬುಕ್ಕಿಗೆ ಅಂಟಿಸಿದರು. ಮಗನ ಉಪನಯನ ಬರುವ ವರ್ಷ. ಹೊಸ ಹಾಳೆ ತಿರುವಿ, ಮಧ್ಯದ ಕಾಲಮ್ಮಿನ ಅಂಕಿಗಳನ್ನು ನೋಡುತ್ತ ಅಂದಾಜು ಬರೆಯಲು ಶುರು ಮಾಡಿದರು. ಮೊದಲ ಸಾಲು ‘ಛತ್ರದ ಬಾಡಿಗೆ’. ಅದರ ಕೆಳಗೇ, ಅಷ್ಟೇ ದಪ್ಪ ಅಕ್ಷರದಲ್ಲಿ ಎರಡನೆಯದು: ‘ಕರೆಂಟು, ಡೀಸೆಲ್, ಕ್ಲೀನಿಂಗ್’.